ಇಳಕಲ್ ಸೀರೆ, ಖಣದ ಕುರ್ತಾ: ಲಿಸ್ಟಿಂಗ್‌ನಲ್ಲಿ ಎಚ್‌ಎಸ್‌ಎನ್ ಮತ್ತು ಜಿಎಸ್‌ಟಿ ದರ ಹಾಕುವ ನನ್ನ ಕ್ರಮ

ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಖಣದಲ್ಲಿ ಹೊಲಿಸಿದ ರವಿಕೆ ಮತ್ತು ಕುರ್ತಾಗಳನ್ನು ಆನ್‌ಲೈನ್‌ನಲ್ಲಿ ಮಾರುವವರ ಕ್ಯಾಟಲಾಗ್‌ನಲ್ಲಿ ಒಂದೇ ಅಂಗಡಿಯ ಮಾಲು ಎರಡು ಬೇರೆ ತೆರಿಗೆ ನಿಯಮಗಳಿಗೆ ಒಳಪಡುತ್ತದೆ. ಸೀರೆ ಮತ್ತು ಹೊಲಿಯದ ಖಣ ಕಾನೂನಿನ ಲೆಕ್ಕದಲ್ಲಿ ಬಟ್ಟೆ. ಅವುಗಳ ಬೆಲೆ ಎಷ್ಟೇ ಇರಲಿ, ದರ ಶೇ 5. ಹೊಲಿದ ರವಿಕೆ, ಕುರ್ತಾಗಳು ಉಡುಪು. 2025ರ ಸೆಪ್ಟೆಂಬರ್ 22ರಿಂದ ಒಂದು ಪೀಸಿನ ಮಾರಾಟ ಮೌಲ್ಯ 2,500 ರೂಪಾಯಿ ಮೀರದಿದ್ದರೆ ಅವಕ್ಕೆ ಶೇ 5, ಮೀರಿದರೆ ಶೇ 18. ಇನ್‌ವಾಯ್ಸ್ ಒಂದು ಹೇಳಿ ಕ್ಯಾಟಲಾಗ್ ಇನ್ನೊಂದು ಹೇಳುವ ತೊಂದರೆಗಳಲ್ಲಿ ಹೆಚ್ಚಿನವು ಈ ಎರಡು ನಿಯಮಗಳನ್ನು ಒಂದಕ್ಕೊಂದು ಬೆರೆಸುವುದರಿಂದಲೇ ಹುಟ್ಟುತ್ತವೆ.

ಆದ್ದರಿಂದ ನಾನು ದರವನ್ನು ಮೊದಲು ನೋಡುವುದಿಲ್ಲ. ಎಚ್‌ಎಸ್‌ಎನ್ ಕೋಡ್ ವಸ್ತುವಿನಿಂದ ಬರುತ್ತದೆ, ದರ ಕೋಡ್ ಮತ್ತು ಬೆಲೆಯಿಂದ ಬರುತ್ತದೆ. ಇದೇ ಕ್ರಮದಲ್ಲಿ ಹೋದರೆ ಗೊಂದಲ ಕಡಿಮೆ. "ಎಥ್ನಿಕ್ ವೇರ್" ಎಂಬಂಥ ವಿಭಾಗಕ್ಕೆ ಒಂದು ದರ ಕಟ್ಟಿ ಸಾವಿರ ಐಟಂಗಳಿಗೆ ಒಟ್ಟಿಗೆ ಹಚ್ಚುವ ಅಭ್ಯಾಸವನ್ನು ನಾನು ಯಾರಿಗೂ ಹೇಳುವುದಿಲ್ಲ.

ಕೋಡ್ ಹುಡುಕುವಾಗ ನಾನು ಕೇಳುವ ಮೊದಲ ಪ್ರಶ್ನೆ, ಇದು ಹೊಲಿದದ್ದೋ ಅಲ್ಲವೋ ಎಂಬುದು. ಥಾನಿನಿಂದ ಕತ್ತರಿಸಿ ಪ್ಯಾಕ್ ಮಾಡಿದ ತುಂಡು ಬಟ್ಟೆಯಾಗಿಯೇ ಉಳಿಯುತ್ತದೆ ಎಂದು 2017ರ ಅಕ್ಟೋಬರ್‌ನಲ್ಲಿ ಹೊರಬಂದ 13/13/2017 ಸುತ್ತೋಲೆ ಸ್ಪಷ್ಟಪಡಿಸಿದೆ. ಹಾಗಾಗಿ ಖಣದ ರವಿಕೆ ಪೀಸನ್ನು ಡಬ್ಬಿಯಲ್ಲಿ ಚಂದವಾಗಿ ಮಡಚಿ ಮಾರಿದರೂ ಅದು ಎಚ್‌ಎಸ್‌ಎನ್ ಪಟ್ಟಿಯ 62ನೇ ಅಧ್ಯಾಯದ ಉಡುಪಾಗುವುದಿಲ್ಲ.

ಬಟ್ಟೆಯಾದರೆ ಮುಂದಿನ ಪ್ರಶ್ನೆ ನೂಲಿನದು. ಇಳಕಲ್ ಸೀರೆಯಲ್ಲಿ ಒಡಲು ಹತ್ತಿ, ಸೆರಗು ಮತ್ತು ಅಂಚು ರೇಷ್ಮೆ ಅಥವಾ ಆರ್ಟ್ ಸಿಲ್ಕ್ ಆಗಿರುವುದು ಸಾಮಾನ್ಯ. ಇಂಥ ಮಿಶ್ರ ಬಟ್ಟೆಯ ಕೋಡನ್ನು ಸೆರಗಿನ ಮೆರುಗು ನೋಡಿ ಹಾಕುವಂತಿಲ್ಲ. ತೂಕದಲ್ಲಿ ಯಾವ ನಾರು ಉಳಿದ ಪ್ರತಿಯೊಂದಕ್ಕಿಂತ ಹೆಚ್ಚಿದೆಯೋ ಅದರ ಅಧ್ಯಾಯಕ್ಕೆ ಬಟ್ಟೆ ಸೇರುತ್ತದೆ. ಹತ್ತಿ ತೂಕದಲ್ಲಿ ಶೇ 85 ಅಥವಾ ಹೆಚ್ಚಿದ್ದು, ಚದರ ಮೀಟರಿಗೆ 200 ಗ್ರಾಂ ಒಳಗಿದ್ದರೆ 5208. ಹತ್ತಿಯೇ ಹೆಚ್ಚಿದ್ದರೂ ಶೇ 85ಕ್ಕಿಂತ ಕಡಿಮೆ ಇದ್ದು, ಅದಕ್ಕೆ ಮುಖ್ಯವಾಗಿ ಮಾನವ ನಿರ್ಮಿತ ನೂಲು ಬೆರೆತಿದ್ದರೆ ಅದೇ ತೂಕದ ಮಿತಿಯಲ್ಲಿ 5210. ರೇಷ್ಮೆಯೇ ಮುಖ್ಯವಾದರೆ 5007. ಪಾಲಿಯೆಸ್ಟರ್ ಫಿಲಮೆಂಟ್ ಮುಖ್ಯವಾದರೆ 5407, ವಿಸ್ಕೋಸ್ ಫಿಲಮೆಂಟ್ ಆದರೆ 5408.

ನೇಕಾರರಿಂದ ಅಥವಾ ಸಗಟು ವ್ಯಾಪಾರಿಯಿಂದ ನೂಲಿನ ಪ್ರಮಾಣವನ್ನು ಬರಹದಲ್ಲಿ ಪಡೆಯುವುದು ಇದಕ್ಕಾಗಿಯೇ. ಖರೀದಿ ಬಿಲ್ಲಿನ ಕೋಡನ್ನು ಹಾಗೇ ನಕಲು ಮಾಡುವುದು ಅಪಾಯ. "ಸಿಲ್ಕ್ ಸೀರೆ" ಎಂದು ಬರೆದು 5007 ಹಾಕಿದ ಬಿಲ್ಲಿನ ಒಳಗಿರುವುದು ಪಾಲಿಯೆಸ್ಟರ್ ಆಗಿರಬಹುದು. ದರ ಎರಡಕ್ಕೂ ಶೇ 5 ಆದ್ದರಿಂದ ತೆರಿಗೆಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಆದರೆ ಲಿಸ್ಟಿಂಗ್‌ನ ವಿವರಣೆ, ಕೋಡ್, ಗ್ರಾಹಕರ ಕೈಗೆ ಹೋದ ಬಟ್ಟೆ ಮೂರೂ ಮೂರು ದಿಕ್ಕಿಗೆ ಹೋಗುತ್ತವೆ. ಗ್ರಾಹಕರಿಗೆ ರೇಷ್ಮೆ ಎಂದು ಹೇಳಿ ಪಾಲಿಯೆಸ್ಟರ್ ಕೊಡುವುದು ತೆರಿಗೆಗಿಂತ ದೊಡ್ಡ ತಪ್ಪು ಎಂದು ನಾನು ನಂಬುತ್ತೇನೆ.

ಉಡುಪಾದರೆ ನಿಟ್ ಬಟ್ಟೆಯೋ ನೇಯ್ದ ಬಟ್ಟೆಯೋ ನೋಡಬೇಕು. ಭೂತಗನ್ನಡಿ ಹಿಡಿದರೆ ನಿಟ್‌ನಲ್ಲಿ ಕುಣಿಕೆಗಳು ಕಾಣುತ್ತವೆ, ನೇಯ್ಗೆಯಲ್ಲಿ ಹಾಸು ಹೊಕ್ಕು ಕಾಣುತ್ತದೆ. ನಿಟ್ 61ನೇ ಅಧ್ಯಾಯ, ನೇಯ್ದದ್ದು 62. ಖಣದ ಹೊಲಿದ ರವಿಕೆ 6206. ಕುರ್ತಾಗೂ ಎಷ್ಟೋ ಜನ ಇದನ್ನೇ ಹಾಕುತ್ತಾರೆ. ಆದರೆ ಸೊಂಟದ ಕೆಳಗೆ ಜೇಬು ಇರುವ ಉಡುಪು 6206ಕ್ಕೆ ಸೇರುವುದಿಲ್ಲ ಎಂದು 62ನೇ ಅಧ್ಯಾಯದ ಟಿಪ್ಪಣಿ ಹೇಳುತ್ತದೆ. ಪಕ್ಕದಲ್ಲಿ ಜೇಬಿಟ್ಟ ಉದ್ದ ಕುರ್ತಾವನ್ನು ನಾನು 6211ರಲ್ಲಿ ಇಡುತ್ತೇನೆ. ಒಂದೇ ವಿನ್ಯಾಸವನ್ನು ಜೇಬು ಇರುವಂತೆಯೂ ಇಲ್ಲದಂತೆಯೂ ಹೊಲಿಸುತ್ತಿದ್ದರೆ ಎರಡಕ್ಕೂ ಬೇರೆ ಎಸ್‌ಕೆಯು ಮಾಡಿ. ಒಂದೇ ಲಿಸ್ಟಿಂಗ್‌ನ ಎರಡು ಆಯ್ಕೆಗಳಾಗಿ ಹಾಕಿದರೆ ಕೋಡ್ ತಾಯಿ ಲಿಸ್ಟಿಂಗ್‌ನಿಂದ ಇಳಿದು ಬಂದು ಎರಡಕ್ಕೂ ಒಂದೇ ಆಗಿಬಿಡುವುದುಂಟು.

ಈಗ ದರ. ಮೊದಲು ಸೀರೆಯ ಲೆಕ್ಕ ತೆಗೆದುಕೊಳ್ಳೋಣ. ತೆರಿಗೆ ಸೇರಿ 7,350 ರೂಪಾಯಿಯ ಇಳಕಲ್ ಸೀರೆಗೆ ಶೇ 5ರಂತೆ ಮೌಲ್ಯ 7,000, ತೆರಿಗೆ 350. "2,500 ಮೀರಿತಲ್ಲ" ಎಂದು ಉಡುಪಿನ ನಿಯಮ ಹಚ್ಚಿದರೆ ಅದೇ 7,350ರಲ್ಲಿ ತೆರಿಗೆ 1,121.19 ಆಗುತ್ತದೆ. ಗ್ರಾಹಕರು ಕೊಡುವ ಹಣ ಬದಲಾಗುವುದಿಲ್ಲವಾದ್ದರಿಂದ ಯಾರೂ ದೂರುವುದಿಲ್ಲ. ಪ್ರತಿ ಸೀರೆಗೆ 771.19 ರೂಪಾಯಿ ಸದ್ದಿಲ್ಲದೆ ಮಾರುವವರ ಕೈಬಿಡುತ್ತಿರುತ್ತದೆ.

ಕುರ್ತಾದಲ್ಲಿ ತಪ್ಪು ಇನ್ನೊಂದು ಕಡೆಗೆ ವಾಲುತ್ತದೆ. ಮೌಲ್ಯ 2,800ರ ಕುರ್ತಾಗೆ ಶೇ 18 ಸೇರಿ 3,304 ಬೆಲೆ ಹಾಕಿ, ದರ ಆಯಲು ಮಾರಾಟ ತಾಣ ಕೊಡುವ ತೆರಿಗೆ ಕೋಡ್ ಮಾತ್ರ ಸ್ಥಿರವಾದ ಶೇ 5ರದ್ದು ಆಯ್ದರೆ ಇನ್‌ವಾಯ್ಸ್‌ನಲ್ಲಿ ಮೌಲ್ಯ 3,146.67, ತೆರಿಗೆ 157.33 ಎಂದು ಬರುತ್ತದೆ. ಬರಬೇಕಾದದ್ದು 504. ಉಳಿದ 346.67 ಬಾಕಿಯಾಗಿ, ಬಡ್ಡಿಯ ಸಮೇತ ಮುಂದೆ ಬಂದು ನಿಲ್ಲುತ್ತದೆ. ಕೆಲವು ಮಾರಾಟ ತಾಣಗಳಲ್ಲಿ ಉಡುಪಿಗೇ ಬೇರೆ ತೆರಿಗೆ ಕೋಡ್ ಇದ್ದು, ಅದು ಆರ್ಡರಿನ ಬೆಲೆ ನೋಡಿ ದರ ಆಯ್ದುಕೊಳ್ಳುತ್ತದೆ. ಅಂಥದ್ದಿದ್ದರೆ ಹೊಲಿದ ಎಲ್ಲ ಐಟಂಗಳಿಗೂ ಅದನ್ನೇ ಹಾಕಿ, ಸೀರೆ ಮತ್ತು ಖಣಕ್ಕೆ ಮಾತ್ರ ಸ್ಥಿರ ಶೇ 5.

ಇಲ್ಲಿ ಬೆಲೆಗಳ ಒಂದು ವಿಚಿತ್ರ ವ್ಯಾಪ್ತಿ ಇದೆ, ಇದನ್ನು ನಿಧಾನವಾಗಿ ನೋಡಬೇಕು. 2,500 ಎಂಬುದು ತೆರಿಗೆ ಸೇರುವ ಮೊದಲಿನ ಮೌಲ್ಯ. ಆನ್‌ಲೈನ್‌ನಲ್ಲಿ ನಾವು ಹಾಕುವುದು ತೆರಿಗೆ ಸೇರಿದ ಬೆಲೆ. 2,500ಕ್ಕೆ ಶೇ 5 ಸೇರಿದರೆ 2,625, ಶೇ 18 ಸೇರಿದರೆ 2,950. ಈಗ ಕುರ್ತಾಗೆ 2,799 ಎಂದು ಬೆಲೆ ಇಟ್ಟರೆ ಏನಾಗುತ್ತದೆ? ಶೇ 5 ಎಂದುಕೊಂಡರೆ ಮೌಲ್ಯ 2,665.71, ಅಂದರೆ ಮಿತಿ ದಾಟಿತು, ಶೇ 18 ಆಗಬೇಕು. ಶೇ 18 ಎಂದುಕೊಂಡರೆ ಮೌಲ್ಯ 2,372.03, ಅಂದರೆ ಮಿತಿಯೊಳಗೆ ಬಂತು, ಶೇ 5 ಆಗಬೇಕು. ಯಾವ ದರವೂ ನಿಲ್ಲುವುದಿಲ್ಲ. ಮಾರಾಟ ತಾಣದ ಲೆಕ್ಕ ಒಂದು ದರ ಆಯ್ದು, ನಿಮ್ಮ ಬಿಲ್ಲಿಂಗ್ ತಂತ್ರಾಂಶ ಇನ್ನೊಂದನ್ನು ಆಯ್ದರೆ ಎರಡಕ್ಕೂ ಅದರದರ ಸಮರ್ಥನೆ ಇರುತ್ತದೆ. ಹಾಗಾಗಿ 2,625ರ ಮೇಲೆ, 2,950ರವರೆಗೆ ಹೊಲಿದ ಉಡುಪಿಗೆ ಬೆಲೆಯನ್ನೇ ಇಡಬೇಡಿ. ವ್ಯಾಪಾರದ ದೃಷ್ಟಿಯಿಂದಲೂ ಅಲ್ಲಿ ಲಾಭವಿಲ್ಲ: 2,799ಕ್ಕೆ ಶೇ 18 ಬಿದ್ದರೆ ಕೈಗೆ 2,372 ರೂಪಾಯಿ, ಅದನ್ನೇ 2,599ಕ್ಕೆ ಇಳಿಸಿದರೆ ಶೇ 5ರಲ್ಲಿ ಕೈಗೆ 2,475.

ರಿಯಾಯಿತಿ ಕೊಟ್ಟಾಗ ಬೆಲೆ ಈ ವ್ಯಾಪ್ತಿಯೊಳಗೆ ತಾನಾಗಿ ಜಾರುತ್ತದೆ. ಯುಗಾದಿಗೆ ನಾವೇ ಶೇ 15 ಕೂಪನ್ ಕೊಟ್ಟರೆ 3,304ರ ಕುರ್ತಾ 2,808.40ಕ್ಕೆ ಬಂದು ನಡುವೆ ಸಿಕ್ಕಿಬೀಳುತ್ತದೆ. ಇನ್‌ವಾಯ್ಸ್‌ನಲ್ಲೇ ತೋರಿಸಿ ಮಾರುವವರು ಕೊಡುವ ರಿಯಾಯಿತಿ ಮೌಲ್ಯದಿಂದ ಕಳೆಯುತ್ತದೆ, ಆದ್ದರಿಂದ ಮಿತಿಯನ್ನು ಎಂಆರ್‌ಪಿಗೆ ಹೋಲಿಸದೆ ರಿಯಾಯಿತಿ ಕಳೆದ ಬೆಲೆಗೆ ಹೋಲಿಸಬೇಕು. ಮಾರಾಟ ತಾಣ ತನ್ನ ಕಿಸೆಯಿಂದ ರಿಯಾಯಿತಿ ಕೊಟ್ಟು ಆ ಹಣವನ್ನು ನಮಗೆ ತುಂಬಿಕೊಟ್ಟರೆ ನಮ್ಮ ಮಾರಾಟ ಮೌಲ್ಯ ಇಳಿಯುವುದಿಲ್ಲ. ಕೂಪನ್ ಯಾರದ್ದು ಎಂಬುದನ್ನು ಆಫರಿಗೆ ಒಪ್ಪುವ ಮುಂಚೆ ಓದಿಕೊಳ್ಳಿ.

ನನ್ನ ಮಾಸ್ಟರ್ ಶೀಟಿನಲ್ಲಿ ಪ್ರತಿ ಎಸ್‌ಕೆಯುಗೆ ಒಂದು ಸಾಲು. `G` ಕಾಲಂನಲ್ಲಿ ಬಟ್ಟೆಯೋ ಉಡುಪೋ, `H`ನಲ್ಲಿ ನಮ್ಮ ರಿಯಾಯಿತಿ ಕಳೆದ, ತೆರಿಗೆ ಸೇರಿದ ಬೆಲೆ. `I` ಕಾಲಂ ದರ ಹೇಳುತ್ತದೆ:

```
=IF(G2="FABRIC",5,IF(H2<=2625,5,IF(H2>2950,18,"CHECK")))
```

`CHECK` ಬಂದ ಸಾಲು ಅಪ್‌ಲೋಡ್ ಆಗುವುದಿಲ್ಲ, ಬೆಲೆ ಬದಲಾಗುತ್ತದೆ. ಹಳೆಯ ಶೀಟು ಇಟ್ಟುಕೊಂಡವರು ಸೂತ್ರದೊಳಗೆ 1,000 ಮತ್ತು 12 ಎಂಬ ಅಂಕಿಗಳು ಉಳಿದಿವೆಯೇ ನೋಡಿ. ಅವು 2025ರ ಸೆಪ್ಟೆಂಬರ್ 22ಕ್ಕೆ ಮುಂಚಿನ ಮಿತಿ ಮತ್ತು ದರ.

ಕೋಡನ್ನು ನಾನು ಆರು ಅಂಕಿಗಳಲ್ಲಿ ಇಡುತ್ತೇನೆ. ವಹಿವಾಟು ಐದು ಕೋಟಿ ಮೀರಿದವರಿಗೆ ಆರು ಅಂಕಿ ಕಡ್ಡಾಯ, ಅದಕ್ಕಿಂತ ಕಡಿಮೆಯವರಿಗೆ ನಾಲ್ಕು ಸಾಕು. ಆದರೆ ಆರು ಇದ್ದರೆ ನಾಲ್ಕು ತೆಗೆಯುವುದು ಸುಲಭ, ನಾಲ್ಕರಿಂದ ಆರು ಮಾಡಲು ಮತ್ತೆ ಬಟ್ಟೆ ಹಿಡಿದು ಕೂರಬೇಕು. ಶೀಟಿನಲ್ಲಿ ಆ ಕಾಲಂ ಪಠ್ಯ ರೂಪದಲ್ಲಿರಲಿ. ಬಿಲ್ಲಿಂಗ್ ತಂತ್ರಾಂಶಕ್ಕೂ ಎಲ್ಲ ಮಾರಾಟ ತಾಣಗಳಿಗೂ ಕೋಡ್ ಹೋಗಬೇಕಾದದ್ದು ಈ ಒಂದೇ ಶೀಟಿನಿಂದ. ಒಂದು ತಾಣದ ಫಾರ್ಮಿನಲ್ಲಿ ಕೈಯಾರೆ ತಿದ್ದಿದ ಕೋಡ್ ಅಲ್ಲಿಯೇ ಉಳಿದುಬಿಡುತ್ತದೆ.

ಹೊಸ ಲಿಸ್ಟಿಂಗ್‌ನ ಮೊದಲ ಆರ್ಡರ್ ಬಂದಾಗ ಇನ್‌ವಾಯ್ಸ್ ತೆರೆದು ಕೋಡ್, ಮೌಲ್ಯ, ದರ ಮೂರನ್ನೂ ಶೀಟಿನ ಸಾಲಿಗೆ ಹೋಲಿಸುತ್ತೇನೆ. ಸಿಜಿಎಸ್‌ಟಿ-ಎಸ್‌ಜಿಎಸ್‌ಟಿ ಬಂದಿದೆಯೋ ಐಜಿಎಸ್‌ಟಿ ಬಂದಿದೆಯೋ ಎಂಬುದು ಮಾಲು ಹೊರಟ ರಾಜ್ಯ ಮತ್ತು ತಲುಪುವ ರಾಜ್ಯದ ಮೇಲೆ ನಿಂತಿದೆ, ಅದನ್ನು ಲಿಸ್ಟಿಂಗ್‌ನಲ್ಲಿ ಹುಡುಕಬೇಡಿ. ಪೈಸೆಗಳ ವ್ಯತ್ಯಾಸ ಪೂರ್ಣಾಂಕ ಮಾಡುವುದರಿಂದ ಬರುತ್ತದೆ. ನೂರಾರು ರೂಪಾಯಿ ವ್ಯತ್ಯಾಸ ಬಂದರೆ ದರ ತಪ್ಪಿದೆ ಎಂದೇ ಅರ್ಥ.

ತಿಂಗಳ ಕೊನೆಗೆ ಎರಡು ಕಡೆ ಹೋಲಿಕೆ ಮಾಡುತ್ತೇನೆ. ಜಿಎಸ್‌ಟಿಆರ್-1ರ 12ನೇ ಕೋಷ್ಟಕದಲ್ಲಿ ಕೋಡ್‌ವಾರು ಮೊತ್ತ ಇರುತ್ತದೆ, 2025ರ ಮೇ ತಿಂಗಳಿಂದ ಅದು ನೋಂದಾಯಿತರಿಗೆ ಮತ್ತು ಸಾಮಾನ್ಯ ಗ್ರಾಹಕರಿಗೆ ಎಂದು ಬೇರೆ ಬೇರೆ. ಅಲ್ಲಿ 5208 ಅಥವಾ 5007ರ ಎದುರು ಶೇ 18 ಕಂಡರೆ ಯಾವುದೋ ಸೀರೆಗೆ ಉಡುಪಿನ ದರ ಬಿದ್ದಿದೆ. ಎರಡನೆಯದು ಮಾರಾಟ ತಾಣ ಶೇ 0.5 ಟಿಸಿಎಸ್ ಕಡಿತ ಮಾಡಿ ವರದಿ ಮಾಡಿದ ಮೌಲ್ಯ. ದರ ತಪ್ಪಿದರೆ ಮೌಲ್ಯವೂ ತಪ್ಪುವುದರಿಂದ, ಅವರ ಮೊತ್ತ ನಮ್ಮ ಪುಸ್ತಕದ ಮೊತ್ತಕ್ಕಿಂತ ಹೆಚ್ಚಿದ್ದರೆ ಎಲ್ಲೋ ಶೇ 18ರ ಜಾಗದಲ್ಲಿ ಶೇ 5 ಹಾಕಿದ್ದಾರೆ ಎಂದು ನಾನು ಮೊದಲು ಹುಡುಕುತ್ತೇನೆ.

ಲಿಸ್ಟಿಂಗ್‌ನಲ್ಲಿ ಕೋಡ್ ಸರಿಪಡಿಸಿದ ಮಾತ್ರಕ್ಕೆ ಹಳೆಯ ಇನ್‌ವಾಯ್ಸ್ ಸರಿಹೋಗುವುದಿಲ್ಲ. ತಿದ್ದಿದ ದಿನದ ನಂತರ ವಾಪಸ್ ಬರುವ ಮಾಲಿನಲ್ಲಿ ಇದು ಕಾಣಿಸುತ್ತದೆ: ಶೇ 18ರಲ್ಲಿ ಮಾರಿದ ಕುರ್ತಾ ಬೆಲೆ ಇಳಿದ ಮೇಲೆ ಮರಳಿ ಬಂದರೆ ಕ್ರೆಡಿಟ್ ನೋಟ್ ಮೂಲ ಇನ್‌ವಾಯ್ಸ್‌ನ ಶೇ 18ರಲ್ಲೇ ಆಗಬೇಕು. ಕ್ರೆಡಿಟ್ ನೋಟ್ ಮಾಡುವಾಗ ಈಗಿನ ಲಿಸ್ಟಿಂಗ್‌ನಿಂದ ದರ ಎತ್ತಿಕೊಳ್ಳುವ ಬಿಲ್ಲಿಂಗ್ ತಂತ್ರಾಂಶಗಳಿವೆ. ಅವುಗಳಲ್ಲಿ ಮೂಲ ಇನ್‌ವಾಯ್ಸ್ ಸಂಖ್ಯೆ ಕೊಟ್ಟು, ದರವನ್ನು ಕಣ್ಣಾರೆ ನೋಡಿದ ಮೇಲೆಯೇ ಸೇವ್ ಮಾಡಿ.