ಬೇಸಿಗೆಯ ಮೀನು ಹೊಂಡ: ಬೆಳಗಿನ ಜಾವದ ಆಮ್ಲಜನಕವನ್ನು ರಾತ್ರಿಯೇ ಲೆಕ್ಕ ಹಾಕುವುದು

ಸಿಂಧನೂರು, ಮಾನ್ವಿ ಕಡೆಯ ಎರೆಭೂಮಿಯ ಹೊಂಡಗಳಲ್ಲಿ ಏಪ್ರಿಲ್, ಮೇ ತಿಂಗಳಿಗೆ ಕಾಲುವೆ ನೀರು ಬರುವುದು ನಿಂತಿರುತ್ತದೆ, ಮೀನು ಮಾತ್ರ ಅರ್ಧ ಕೆಜಿ ದಾಟಿರುತ್ತದೆ. ಹಳೆ ನೀರು ತೆಗೆದು ಹೊಸ ನೀರು ಬಿಡೋಣ ಎಂದರೆ ದಾರಿಯಿಲ್ಲ. ಇರುವ ನೀರಿನಲ್ಲೇ ರಾತ್ರಿ ಕಳೆಯಬೇಕು. ಅದಕ್ಕೆ ನಾನು ನೆಚ್ಚಿಕೊಂಡಿರುವುದು ಆಮ್ಲಜನಕದ ಮೀಟರ್‌ನಲ್ಲಿ ರಾತ್ರಿ ತೆಗೆಯುವ ಎರಡು ಅಳತೆಗಳನ್ನು.

ಲೆಕ್ಕಕ್ಕೆ ಅರ್ಧ ಎಕರೆ ಹೊಂಡ, ಐದು ಅಡಿ ನೀರು ಎಂದಿಟ್ಟುಕೊಳ್ಳಿ. ಸುಮಾರು 30 ಲಕ್ಷ ಲೀಟರ್ ಆಗುತ್ತದೆ. ಕಾಟ್ಲಾ, ರೋಹು, ಮೃಗಾಲ್ ಸೇರಿ 2,000 ಮೀನು, ತಲಾ 600 ಗ್ರಾಂ ಅಂದರೆ 1,200 ಕೆಜಿ ಮೀನಿದೆ. ಸಂಜೆ 7ಕ್ಕೆ ಮೀಟರ್ 8.2 ಪಿಪಿಎಂ ತೋರಿಸುತ್ತದೆ, ರಾತ್ರಿ 10ಕ್ಕೆ 6.4. ಮೂರು ಗಂಟೆಗೆ 1.8 ಇಳಿದಿದೆ, ಗಂಟೆಗೆ 0.6. ಇದೇ ಇಳಿಜಾರು ಮುಂದುವರಿದರೆ ರಾತ್ರಿ 2ಕ್ಕೆ 4 ಪಿಪಿಎಂ, ಬೆಳಗ್ಗೆ 6ಕ್ಕೆ 1.6. ಆಮ್ಲಜನಕ 2ಕ್ಕಿಂತ ಕೆಳಗೆ ಹೋದರೆ ಗೆಂಡೆ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ, ಮೊದಲು ಬರುವುದು ಕಾಟ್ಲಾ. ಹಾಗಾಗಿ ಏರಿಯೇಟರ್ ಹಾಕಬೇಕಾದ ಹೊತ್ತು 4 ಪಿಪಿಎಂ ಇರುವ ರಾತ್ರಿ 2 ಗಂಟೆ, ಮೀನು ಬಾಯಿ ಬಿಟ್ಟ ಮೇಲಲ್ಲ. ನಿಜವಾಗಿ ಇಳಿತ ಬೆಳಗಿನ ಜಾವಕ್ಕೆ ಸ್ವಲ್ಪ ನಿಧಾನವಾಗುತ್ತದೆ, ಆದ್ದರಿಂದ ಲೆಕ್ಕ ತಪ್ಪಿದರೂ ಮೀನಿಗೆ ಒಳ್ಳೆಯದಾಗುವ ಕಡೆಗೇ ತಪ್ಪುತ್ತದೆ.

ಅಳೆಯುವಾಗ ಎರಡು ಸಲವೂ ಅದೇ ಜಾಗ, ಅದೇ ಆಳ ಇರಬೇಕು. ದಂಡೆಯಲ್ಲಿ ನಿಂತು ಮೇಲಿನ ನೀರಿಗೆ ಪ್ರೋಬ್ ಅದ್ದಿದರೆ ಸಂಖ್ಯೆ ಚೆನ್ನಾಗಿಯೇ ಬರುತ್ತದೆ, ಅದನ್ನು ನಂಬುವಂತಿಲ್ಲ. ನಾನು ಕೋಲಿಗೆ ಕಟ್ಟಿ ಎರಡೂವರೆ ಅಡಿ ಆಳಕ್ಕೆ ಇಳಿಸಿ, ಮೆಲ್ಲಗೆ ಅಲ್ಲಾಡಿಸುತ್ತಾ, ಅಂಕಿ ನಿಂತ ಮೇಲೆ ಬರೆದುಕೊಳ್ಳುತ್ತೇನೆ. ತಳದ ಸ್ಥಿತಿ ತಿಳಿಯಲು ನೆಲದಿಂದ ಒಂದಡಿ ಮೇಲೆ ಬೇರೆಯಾಗಿ ಅಳೆಯುತ್ತೇನೆ. ಪ್ರೋಬ್‌ನ ಪೊರೆಯ ಕೆಳಗೆ ಗಾಳಿಗುಳ್ಳೆ ಕೂತಿದ್ದರೆ ಅಂಕಿ ಓಡಾಡುತ್ತಲೇ ಇರುತ್ತದೆ. ಆಗ ದ್ರಾವಣ ಬದಲಿಸಿ ಮತ್ತೆ ಕ್ಯಾಲಿಬ್ರೇಟ್ ಮಾಡದೆ ಅಳೆಯುವುದು ದಂಡ.

ಈ 0.6 ಅನ್ನು ತಿನ್ನುತ್ತಿರುವವರು ಯಾರು? ಮೀನು ಎಂದೇ ಹೆಚ್ಚಿನವರು ತಿಳಿಯುತ್ತಾರೆ. ಬಿಸಿ ನೀರಿನಲ್ಲಿ ಈ ಗಾತ್ರದ ಮೀನು ಕೆಜಿಗೆ ಗಂಟೆಗೆ ಕಾಲು ಗ್ರಾಂ ಆಸುಪಾಸು ಬಳಸುತ್ತದೆ ಎಂದರೂ 1,200 ಕೆಜಿಗೆ 300 ಗ್ರಾಂ, ಅಂದರೆ 0.1 ಪಿಪಿಎಂ ಮಾತ್ರ. ಉಳಿದ 0.5 ಹಗಲೆಲ್ಲ ಆಮ್ಲಜನಕ ಕೊಟ್ಟ ಹಸಿರು ಪಾಚಿಯದು ಮತ್ತು ತಳದ ಕೆಸರಿನದು. ಸಂಜೆ 8 ಪಿಪಿಎಂಗೂ ಮೇಲಿನ ಅಂಕಿ ಕಂಡು ಹಿಗ್ಗುವುದು ಬೇಡ ಎನ್ನುವುದು ಇದಕ್ಕೇ. 32 ಡಿಗ್ರಿ ನೀರು ತಾನಾಗಿ ಹಿಡಿದಿಟ್ಟುಕೊಳ್ಳುವುದು 7.3 ಪಿಪಿಎಂ ಅಷ್ಟೆ. ಅದಕ್ಕೂ ಮೇಲೆ ಹೋಗಿದೆಯೆಂದರೆ ಪಾಚಿ ದಟ್ಟವಾಗಿದೆ, ರಾತ್ರಿ ಅಷ್ಟೇ ರಭಸವಾಗಿ ಕೆಳಗಿಳಿಯುತ್ತದೆ. ಕೈ ನೀರಿಗೆ ನೇರ ಇಳಿಸಿದಾಗ ಅಂಗೈ ಮೊಣಕೈ ಮುಳುಗುವ ಹೊತ್ತಿಗೆ ಮರೆಯಾದರೆ ಹದವಾಗಿದೆ. ಮಣಿಕಟ್ಟು ಮುಳುಗುವಷ್ಟರಲ್ಲೇ ಮರೆಯಾದರೆ ಅಂದಿನಿಂದಲೇ ಗೊಬ್ಬರ ಬಂದ್, ಫೀಡ್ ಅರ್ಧ.

ಏರಿಯೇಟರ್‌ನ ಶಕ್ತಿಯನ್ನೂ ಹೀಗೇ ತೂಗಬೇಕು. ಗಂಟೆಗೆ 0.6 ಪಿಪಿಎಂ ಎಂದರೆ ಈ ಹೊಂಡಕ್ಕೆ 1.8 ಕೆಜಿ ಆಮ್ಲಜನಕ. ಒಂದು ಎಚ್‌ಪಿ ಪ್ಯಾಡಲ್ ವೀಲ್ ಕಂಪನಿಯ ಹಾಳೆಯಲ್ಲಿ ಹೇಳುವಷ್ಟು ಹೊಂಡದಲ್ಲಿ ಕೊಡುವುದಿಲ್ಲ, ಯಾಕೆಂದರೆ ಆ ಅಂಕಿ ಆಮ್ಲಜನಕವೇ ಇಲ್ಲದ 20 ಡಿಗ್ರಿ ನೀರಿನದು. 0.7 ಕೆಜಿ ಎಂದು ಹಿಡಿಯುತ್ತೇನೆ. ಒಂದೇ ಯಂತ್ರ 2 ಗಂಟೆಗೆ ಶುರುವಾದರೆ ಇಳಿತ 0.37ಕ್ಕೆ ತಗ್ಗಿ ಬೆಳಗ್ಗೆ 2.5 ಉಳಿಯುತ್ತದೆ. ಎರಡಿದ್ದರೆ 3.5. ಒಂದರಲ್ಲೂ ಮೀನು ಬದುಕುತ್ತದೆ, ಆದರೆ ಮರುದಿನ ಮೇವಿಗೆ ಬರುವುದಿಲ್ಲ. ಅದಕ್ಕೇ ಎರಡು ಇಟ್ಟಿದ್ದೇನೆ, ಎರಡೂ ಸಿಂಗಲ್ ಫೇಸ್. ಥ್ರೀ ಫೇಸ್ ಕರೆಂಟ್ ಪಾಳಿ ಬೇಕಾದ ಹೊತ್ತಿಗೆ ಬರುವುದು ಖಾತ್ರಿಯಿಲ್ಲ.

ಪ್ಯಾಡಲ್‌ನ ರೆಕ್ಕೆ ಮೂರೂವರೆಯಿಂದ ನಾಲ್ಕು ಇಂಚು ಮುಳುಗಿರಬೇಕು. ಇನ್ನೂ ಆಳಕ್ಕೆ ಹೋದರೆ ಮೋಟಾರ್ ಕಾಯುತ್ತದೆ, ಮೇಲಿದ್ದರೆ ಬರೀ ಸದ್ದು. ಎರಡನ್ನೂ ಒಂದರ ಬೆನ್ನಿಗೆ ಇನ್ನೊಂದು ನೀರು ತಳ್ಳುವಂತೆ ಕಟ್ಟಿದರೆ ಇಡೀ ಹೊಂಡ ಸುತ್ತುತ್ತದೆ. ಕೇಬಲ್ ಕಂಬದ ಮೇಲೆ ಹೋಗಬೇಕು, ಸಾಲಿನಲ್ಲಿ ಇಎಲ್‌ಸಿಬಿ ಇರಲೇಬೇಕು. ಒದ್ದೆ ನೆಲದಲ್ಲಿ, ರಾತ್ರಿ ಹೊತ್ತು, ಬರಿಗಾಲಲ್ಲಿ ಸ್ವಿಚ್ ಒತ್ತುವ ಕೆಲಸ ಇದು. ಕರೆಂಟ್ ಕೈಕೊಟ್ಟರೆ ಡೀಸೆಲ್ ಪಂಪಿನಿಂದ ಹೊಂಡದ ನೀರನ್ನೇ ಎತ್ತಿ, ತೂತು ಕೊರೆದ ಪೈಪಿನಲ್ಲಿ ಚಿಮ್ಮಿಸಿ ಮತ್ತೆ ಬಿಡುತ್ತೇನೆ. ಬೋರ್‌ವೆಲ್ ನೀರನ್ನು ಹಾಗೇ ನೇರ ಬಿಡಬಾರದು, ಅದರಲ್ಲಿ ಆಮ್ಲಜನಕ ಇಲ್ಲವೆಂದೇ ಹೇಳಬಹುದು.

ಆಮ್ಲಜನಕದ ಗಂಡಾಂತರ ಬೆಳಗಿನ ಜಾವ, ಅಮೋನಿಯಾದ್ದು ಮಧ್ಯಾಹ್ನ ಮೂರು ನಾಲ್ಕರ ಹೊತ್ತು. ಬೆಳಗ್ಗೆ ಬಾಯಿ ಬಿಟ್ಟ ಮೀನು ಬಿಸಿಲೇರಿದ ಮೇಲೆ ಕೆಳಗಿಳಿದರೆ ಅದು ಆಮ್ಲಜನಕದ ಕೊರತೆ. ಮೀಟರ್‌ನಲ್ಲಿ 8 ಇದ್ದೂ ಮಧ್ಯಾಹ್ನ ಮೀನು ಮಂಕಾಗಿ ದಂಡೆ ಹಿಡಿದು ತಿರುಗುತ್ತಿದ್ದರೆ, ಮೇವು ಮುಟ್ಟದಿದ್ದರೆ, ನಾನು ಅಮೋನಿಯಾ ಕಿಟ್ ತೆಗೆಯುತ್ತೇನೆ. ಕಿಟ್ ತೋರಿಸುವುದು ಒಟ್ಟು ಅಮೋನಿಯಾ. ಅದರಲ್ಲಿ ವಿಷವಾಗುವ ಪಾಲು ಎಷ್ಟೆಂದು ಹೇಳುವುದು ಪಿಎಚ್. ಪಾಚಿ ಹಗಲೆಲ್ಲ ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುವುದರಿಂದ ಬೆಳಗ್ಗೆ 7.6 ಇದ್ದ ಪಿಎಚ್ ಸಂಜೆ 4ಕ್ಕೆ 9 ಆಗಿರುತ್ತದೆ. ಒಟ್ಟು 1 ಪಿಪಿಎಂ ಇದ್ದರೆ, 30 ಡಿಗ್ರಿಯಲ್ಲಿ ಬೆಳಗ್ಗೆ ವಿಷದ ಪಾಲು 0.03, ಸಂಜೆ 0.45. ನಾನು 0.05ಕ್ಕಿಂತ ಮೇಲೆ ಬಿಡುವುದಿಲ್ಲ. ಆದ್ದರಿಂದ ಬೆಳಗ್ಗೆ ಮಾತ್ರ ಪರೀಕ್ಷೆ ಮಾಡಿ ಸುಮ್ಮನಾದರೆ ಕಿಟ್ ಇದ್ದೂ ಇಲ್ಲದಂತೆ.

ಈ ಹೊತ್ತಿನಲ್ಲಿ ಎಲ್ಲರ ಕೈ ಹೋಗುವುದು ಸುಣ್ಣದ ಚೀಲಕ್ಕೆ. ಸುಟ್ಟ ಸುಣ್ಣ ಪಿಎಚ್ ಅನ್ನು ಇನ್ನೂ ಏರಿಸುತ್ತದೆ, ಅದೇ 1 ಪಿಪಿಎಂ ಇನ್ನಷ್ಟು ವಿಷವಾಗುತ್ತದೆ. ಅಮೋನಿಯಾ ಹೆಚ್ಚಿರುವಾಗ ಸುಣ್ಣ ಹಾಕಲೇಬಾರದು. ಏರಿಯೇಟರ್ ಕೂಡ ಅಮೋನಿಯಾವನ್ನು ಗಾಳಿಗೆ ಹಾರಿಸುವುದು ಅಷ್ಟಕ್ಕಷ್ಟೆ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾಕ್ಕೆ ಅದು ಉಸಿರು ಕೊಡುತ್ತದೆ, ಅಷ್ಟೇ ಲಾಭ. ಮೂಲ ಇರುವುದು ಫೀಡಿನಲ್ಲಿ. 28 ಪರ್ಸೆಂಟ್ ಪ್ರೋಟೀನಿನ ಒಂದು ಕೆಜಿ ಫೀಡ್ ಸುಮಾರು 26 ಗ್ರಾಂ ಅಮೋನಿಯಾ ಬಿಡುತ್ತದೆ. ಈ ಹೊಂಡಕ್ಕೆ ದಿನಕ್ಕೆ 24 ಕೆಜಿ ಹಾಕಿದರೆ 620 ಗ್ರಾಂ, ಅಂದರೆ ದಿನಕ್ಕೆ 0.2 ಪಿಪಿಎಂ. ಪಾಚಿ ಚೆನ್ನಾಗಿರುವಷ್ಟು ದಿನ ಅದೇ ಇದನ್ನು ಉಣ್ಣುತ್ತದೆ. ಪಾಚಿ ಒಮ್ಮೆಲೇ ಸತ್ತು ನೀರು ಕಂದು ಬಣ್ಣಕ್ಕೆ ತಿರುಗಿತೋ, ಐದೇ ದಿನದಲ್ಲಿ 1 ಪಿಪಿಎಂ. ಅಂಥ ದಿನ ಫೀಡ್ ಪೂರ್ತಿ ನಿಲ್ಲಿಸುತ್ತೇನೆ. ಎರಡು ಮೂರು ದಿನ ಉಪವಾಸವಿದ್ದರೆ ಮೀನಿಗೆ ಏನೂ ಆಗುವುದಿಲ್ಲ. ಉಳಿದ ದಿನಗಳಲ್ಲೂ ಬೆಳಗ್ಗೆ 9ರ ಮೊದಲು, ಸಂಜೆ 4ರ ನಂತರ ಮೇವಿಲ್ಲ. ತಿಂದ ಮೇಲೆ ಕೆಲವು ಗಂಟೆ ಮೀನಿಗೆ ಆಮ್ಲಜನಕ ಹೆಚ್ಚು ಬೇಕು.

ಇನ್ನು ಅಶ್ವಿನಿ, ಭರಣಿ ಮಳೆಯ ದಿನಗಳು. ಗಾಳಿಯಿಲ್ಲದ ಬಿಸಿಲಿನಲ್ಲಿ ಮೇಲಿನ ನೀರು ಕಾದು, ತಳದಲ್ಲಿ ಆಮ್ಲಜನಕವಿಲ್ಲದ ತಣ್ಣನೆ ಪದರ ಬೇರೆಯೇ ನಿಂತಿರುತ್ತದೆ. ತಣ್ಣನೆ ಮಳೆ, ಬಿರುಗಾಳಿ ಬಂದ ಕೂಡಲೇ ಎರಡೂ ಕಲಸಿ ಇಡೀ ಹೊಂಡ ಕೆಡುತ್ತದೆ. ಇದಕ್ಕೇ ದಿನಾ ಮಧ್ಯಾಹ್ನ 1ರಿಂದ 3ರವರೆಗೆ ಒಂದು ಏರಿಯೇಟರ್ ಓಡಿಸುತ್ತೇನೆ. ಮೇಲಿನ ಹೆಚ್ಚುವರಿ ಆಮ್ಲಜನಕ ಸ್ವಲ್ಪ ಗಾಳಿಗೆ ಹೋಗುವುದು ನಿಜ, ಆದರೆ ಉಳಿದದ್ದು ತಳ ಮುಟ್ಟುತ್ತದೆ. ಮೋಡ ಕವಿದ ದಿನ ಸಂಜೆ 7ರ ಅಳತೆ 5 ಅಥವಾ ಅದಕ್ಕಿಂತ ಕಡಿಮೆ ಬಂದರೆ 10 ಗಂಟೆಯ ಎರಡನೇ ಅಳತೆಗೆ ಕಾಯುವುದಿಲ್ಲ. 8ಕ್ಕೇ ಎರಡೂ ಯಂತ್ರ ಹಾಕಿ, ಬಿಸಿಲು ಬಂದು ಮೀಟರ್ 4 ದಾಟುವ ತನಕ ನಿಲ್ಲಿಸುವುದಿಲ್ಲ.