55 ಇಂಚಿನ ಟಿವಿಯಲ್ಲಿ ಒಂದು ಗೇಣಿನ ಮುಖ

ಟಿವಿ ಮನೆಗೆ ಬಂದ ದಿನವೇ ಅಣ್ಣ ಹೇಳಿಬಿಟ್ಟಿದ್ದ: "ಅಮ್ಮ ಅದನ್ನ ನೋಡಲ್ಲ. ಫೋನೇ ಅವಳಿಗೆ ಸರಿ." ಮೂರು ವಾರ ಅವನು ಹೇಳಿದ್ದೇ ನಿಜ ಅನ್ನಿಸುವ ಹಾಗಿತ್ತು. ನಾಲ್ಕನೇ ವಾರ ಅಮ್ಮ ಅದರ ಮುಂದೆ ಒಂದು ಗಂಟೆ ಹತ್ತು ನಿಮಿಷ ಕೂತಳು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅದಕ್ಕೆ ಮೊದಲು ನಮ್ಮ ಮನೆಯಲ್ಲಿದ್ದದ್ದು 24 ಇಂಚಿನ ಹಳೆಯದು. ಹೊಸದು 55 ಇಂಚಿನದು, ಅಂದರೆ ಅಗಲ ಹೆಚ್ಚುಕಡಿಮೆ 122 ಸೆಂಟಿಮೀಟರ್, ಎತ್ತರ 68. ಕೊಂಡದ್ದೇ ಅಮ್ಮನಿಗಾಗಿ. ಅಕ್ಕನ ಮಕ್ಕಳಿಬ್ಬರೂ ದೂರದಲ್ಲಿದ್ದಾರೆ. ಪುಟ್ಟಿಗೆ ಒಂಬತ್ತು ವರ್ಷ, ಚಿನ್ನುವಿಗೆ ನಾಲ್ಕು. ಫೋನಿನಲ್ಲಿ ಅವರ ಮುಖ ಹೆಬ್ಬೆರಳಿನಷ್ಟು ಕಾಣುತ್ತಿತ್ತು, ಅಮ್ಮ ಅದನ್ನು ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದಳು. ದೊಡ್ಡದಾಗಿ ತೋರಿಸಿದರೆ ಮುಗಿಯಿತು ಅಂದುಕೊಂಡಿದ್ದೆ. ತಪ್ಪು ಲೆಕ್ಕ ಅಲ್ಲೇ ಶುರುವಾಯಿತು.

ಮೊದಲು ಮಾಡಿದ್ದು ಎಲ್ಲರೂ ಮಾಡುವುದೇ: ಫೋನಿನಲ್ಲಿ ಕಾಣುವುದೇ ಟಿವಿಯಲ್ಲೂ ಕಾಣುವ ಹಾಗೆ ಮಿರರ್ ಮಾಡಿದೆ. ಖರ್ಚಿಲ್ಲ, ಎರಡು ನಿಮಿಷದ ಕೆಲಸ. ಚಿನ್ನು ಗೋಡೆಯಗಲ ಬಂದ. ಅವನದು ಮೂಗನ್ನು ಕ್ಯಾಮೆರಾಗೆ ಒತ್ತಿ ಹಿಡಿಯುವ ವಯಸ್ಸು, ಹಾಗಾಗಿ ಕೆನ್ನೆಯಿಂದ ಕೆನ್ನೆಗೆ ಒಂದು ಮೊಳ. ಅಮ್ಮ ಕುರ್ಚಿ ಹಿಂದಕ್ಕೆ ಸರಿಸಿಕೊಂಡು, "ಏನೋ ಇದು, ಮಗುಗೆ ಮುಖ ಊದಿದೆಯಾ?" ಅಂದಳು. ಆ ಕಡೆ ಅಕ್ಕನಿಗೆ ಕಂಡದ್ದು ಅಮ್ಮನ ಕಿವಿ ಮಾತ್ರ. ಕ್ಯಾಮೆರಾ ಅವಳ ಕೈಯಲ್ಲಿದ್ದ ಫೋನಿನಲ್ಲಿ, ಕಣ್ಣು ಟಿವಿಯ ಮೇಲೆ. "ಅಜ್ಜಿ ಯಾರನ್ನ ನೋಡ್ತಿದ್ದಾಳೆ?" ಅಂತ ಚಿನ್ನು ಮೂರು ಸಲ ಕೇಳಿದ, ನಾಲ್ಕನೇ ಸಲ ಎದ್ದು ಹೋದ. ಸಾಲದ್ದಕ್ಕೆ, ಮಿರರ್ ಆದ ಚಿತ್ರ ಅರ್ಧ ಸೆಕೆಂಡಿನಷ್ಟು ತಡವಾಗಿ ಬರುತ್ತಿತ್ತು. ಮೂಲೆಯ ಪುಟ್ಟ ಚೌಕದಲ್ಲಿ ಅಮ್ಮ ತಾನೇ ತಡವಾಗಿ ಕೂದಲು ನೇವರಿಸಿಕೊಳ್ಳುವುದನ್ನು ನೋಡಿ, "ಅಲ್ಲಿ ಇನ್ನೊಬ್ಬಳು ಮುದುಕಿ ಕೂತಿದಾಳಲ್ಲ, ಯಾರವಳು?" ಅಂದಳು. ಆ ಚೌಕವನ್ನು ಅವತ್ತೇ ಮರೆಮಾಡಿದೆ. ನೀವೂ ಮಾಡಿ, ಉಳಿದದ್ದು ಆಮೇಲೆ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಅಕ್ಕ ಫೋನ್ ಉದ್ದಕ್ಕೆ ಹಿಡಿದರೆ ಟಿವಿಯ ಮೂರರಲ್ಲೊಂದು ಪಾಲು ಮಾತ್ರ ತುಂಬುತ್ತದೆ, ಎರಡೂ ಪಕ್ಕ ಕಪ್ಪು. ಟಿವಿಯ ಜೂಮ್ ಒತ್ತಿದರೆ ಕಪ್ಪು ಹೋಯಿತು, ಜೊತೆಗೆ ಪುಟ್ಟಿಯ ಹಣೆಯೂ ಗಲ್ಲವೂ ಹೋದವು. ಫೋನ್ ಅಡ್ಡ ಹಿಡಿ ಅಂತ ಅಕ್ಕನಿಗೆ ಹೇಳಿ ಹೇಳಿ ಸಾಕಾಗಿ, ಕೊನೆಗೆ ಅವರ ಕಡೆ ಲ್ಯಾಪ್‌ಟಾಪ್ ಇಡಿಸಿದೆ.

ನಮ್ಮ ಕಡೆಯೂ ಲ್ಯಾಪ್‌ಟಾಪಿಗೆ ಎಚ್‌ಡಿಎಂಐ ಕೇಬಲ್ ಹಾಕಿದೆ, ಟಿವಿಯ ನೆತ್ತಿಯ ಮೇಲೆ ವೆಬ್‌ಕ್ಯಾಮ್. ಇಲ್ಲಿ ದುಡ್ಡು ಕಳೆದುಕೊಂಡೆ. ಲ್ಯಾಪ್‌ಟಾಪ್ ಕೋಣೆಯ ಆ ಮೂಲೆಯಲ್ಲಿರಲಿ ಅಂತ ಹತ್ತು ಮೀಟರಿನ ಅಗ್ಗದ ಯುಎಸ್‌ಬಿ ಎಕ್ಸ್‌ಟೆನ್ಷನ್ ತಂದೆ. ಕ್ಯಾಮೆರಾ ಎರಡು ನಿಮಿಷ ಬರುವುದು, ಹೋಗುವುದು. ಕ್ಯಾಮೆರಾ ಕೆಟ್ಟಿದೆ ಅಂತ ಇನ್ನೊಂದು ಕೊಂಡೆ, ಅದೂ ಹಾಗೇ. ಸಾದಾ ಯುಎಸ್‌ಬಿ ತಂತಿ ಒಟ್ಟು ಐದು ಮೀಟರ್ ದಾಟಿದರೆ ನಂಬುವ ಹಾಗಿಲ್ಲ ಅಂತ ನಿಮಗೆಲ್ಲ ಗೊತ್ತಿರುತ್ತದೆ. ನನಗೂ ಗೊತ್ತಿತ್ತು, ಆ ಹೊತ್ತಿಗೆ ನೆನಪಾಗಲಿಲ್ಲ. ಟಿವಿಯ ಬೆಲೆಯ ಇಪ್ಪತ್ತರಲ್ಲೊಂದು ಪಾಲಿನಷ್ಟು ಹಣ ಈಗ ಡ್ರಾಯರಿನಲ್ಲಿ ಸುರುಳಿ ಸುತ್ತಿಕೊಂಡು ಮಲಗಿದೆ.

ಆ ತಂತಿ ತೆಗೆದ ಮೇಲೆ ಚಿತ್ರ ಕಡಿಯದೆ ಬರತೊಡಗಿತು, ಈಗ ಶಬ್ದದ ಕಾಟ. ಆ ಕಡೆ ಅಕ್ಕನಿಗೆ ಅವಳ ದನಿಯೇ ತಿರುಗಿ ಕೇಳುತ್ತಿತ್ತು. ಭಾವ ಅವರ ಲ್ಯಾಪ್‌ಟಾಪನ್ನೇ ಎರಡು ದಿನ ಬಿಚ್ಚಿ ಕಟ್ಟಿದರು. ಪ್ರತಿಧ್ವನಿ ಯಾರಿಗೆ ಕೇಳುತ್ತದೋ ಅವರ ಕಡೆ ತಪ್ಪಿರುವುದು ಅಪರೂಪ, ಎದುರಿನವರ ಕಡೆಯೇ ಹುಡುಕಬೇಕು. ಅಕ್ಕನ ದನಿ ನಮ್ಮ ಟಿವಿಯಿಂದ ಹೊರಟು ನಮ್ಮ ಮೈಕಿಗೇ ಬೀಳುತ್ತಿತ್ತು. ಕಾಲ್ ಆ್ಯಪ್ ತಾನು ಕಳಿಸಿದ ಶಬ್ದವನ್ನು ಗುರುತು ಹಿಡಿದು ಅಳಿಸುತ್ತದೆ ನಿಜ, ಆದರೆ ಟಿವಿ ಅದನ್ನು ತಡಮಾಡಿ, ಸರೌಂಡ್ ಅಂತ ಏನೇನೋ ಬಣ್ಣ ಬಳಿದು ಕೊಟ್ಟರೆ ಗುರುತು ಸಿಗುವುದಾದರೂ ಹೇಗೆ? ಟಿವಿಯ ಧ್ವನಿಯ ಅಲಂಕಾರಗಳನ್ನೆಲ್ಲ ತೆಗೆದಾಗ ಅರ್ಧ ಕಡಿಮೆಯಾಯಿತು. ಇನ್ನರ್ಧ ಉಳಿಯಿತು.

ಅಷ್ಟರಲ್ಲಿ ಅಮ್ಮನ ದೂರು ಬೇರೆಯೇ: "ಮಗು ಮಾತಾಡ್ತಿರೋದು ಕೇಳ್ಸುತ್ತೆ ಕಣೋ, ಏನು ಅಂತ ತಿಳಿಯಲ್ಲ." ವಾಲ್ಯೂಮ್ ಏರಿಸಿದೆ. ಗದ್ದಲ ಹೆಚ್ಚಾಯಿತು, ಮಾತು ಬಿಡಿಸಿಕೊಳ್ಳಲಿಲ್ಲ. ವಯಸ್ಸಾದವರ ಕಿವಿಗೆ ಮೊದಲು ತಪ್ಪುವುದು ಎತ್ತರದ ಸ್ವರ. ಸ, ಶ, ತ ಇಂಥ ವ್ಯಂಜನಗಳು ಇರುವುದೇ ಅಲ್ಲಿ, ಮಕ್ಕಳ ದನಿ ಮೊದಲೇ ಎತ್ತರದ್ದು. ಇನ್ನು ತೆಳು ಟಿವಿಯ ಸ್ಪೀಕರ್ ಬೆನ್ನ ಕಡೆಗೋ ನೆಲದ ಕಡೆಗೋ ತಿರುಗಿರುತ್ತದೆ, ಅದು ಗೋಡೆಗೆ ಬಡಿದು ಬರುವ ಮಾತು. ಹಾಗಾಗಿ ಟಿವಿಯ ಬಾಯಿ ಪೂರ್ತಿ ಮುಚ್ಚಿದೆ. ಮೀಟಿಂಗುಗಳಲ್ಲಿ ಮೇಜಿನ ಮೇಲಿಡುವ ದುಂಡನೆಯ ಸ್ಪೀಕರ್‌ಫೋನ್ ಒಂದನ್ನು ತಂದು ಅಮ್ಮನ ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ, ಕೈಯಳತೆಯಲ್ಲಿ ಇಟ್ಟೆ. ಶಬ್ದವೂ ಮೈಕೂ ಅದರಲ್ಲೇ, ತನ್ನ ಪ್ರತಿಧ್ವನಿಯನ್ನು ತಾನೇ ಅಳಿಸಿಕೊಳ್ಳುತ್ತದೆ. ಟಿವಿ ಬಿಟ್ಟರೆ ಇದೇ ದೊಡ್ಡ ಖರ್ಚು, ಇದಕ್ಕೆ ಮಾತ್ರ ನನಗೆ ಪಶ್ಚಾತ್ತಾಪವಿಲ್ಲ. ಕೇಬಲ್ ಚುಚ್ಚಿದಾಗಲೆಲ್ಲ ಲ್ಯಾಪ್‌ಟಾಪ್ ಶಬ್ದವನ್ನು ಮತ್ತೆ ಟಿವಿಗೇ ದಾಟಿಸುವುದುಂಟು, ಕಾಲ್‌ಗೆ ಮೊದಲು ಅದೊಂದನ್ನು ನೋಡಿಕೊಳ್ಳುತ್ತೇನೆ.

ಶಬ್ದ ಟಿವಿಯಿಂದ ಬಿಡಿಸಿಕೊಂಡ ಕೂಡಲೇ ಹೊಸ ವಿಚಿತ್ರ: ಮಾತು ಮೊದಲು, ತುಟಿ ಆಮೇಲೆ. ಚಿತ್ರಕ್ಕೆ ಮೆರುಗು ಕೊಡಲು ಟಿವಿ ತಗೊಳ್ಳುವ ಹೊತ್ತದು. ನೆರೆಮನೆಯ ಹುಡುಗ ಬಂದು ನೋಡಿ, "ಅಂಕಲ್, ಗೇಮ್ ಮೋಡ್ ಹಾಕಿ" ಅಂದ. ಅಜ್ಜಿಗೆ ಗೇಮ್ ಮೋಡಾ ಅಂತ ನಕ್ಕೆ. ಹಾಕಿದ ಮೇಲೆ ಟಿವಿ ಆ ಮೆರುಗಿನ ಕೆಲಸ ಬಿಟ್ಟಿತು, ತುಟಿಯೂ ಮಾತೂ ಕೂಡಿಕೊಂಡವು, ನಗು ನಿಂತಿತು.

ಇಷ್ಟೆಲ್ಲ ಆದರೂ ಅಮ್ಮ ಐದು ನಿಮಿಷಕ್ಕೆ ಏಳುತ್ತಿದ್ದಳು. "ಆಯ್ತು, ನೋಡಿದೆನಲ್ಲ." ಅಣ್ಣ ಹುಬ್ಬು ಹಾರಿಸುತ್ತಿದ್ದ. ಒಂದು ರಾತ್ರಿ ಅಕ್ಕ ತನ್ನ ಕಡೆಯಿಂದ ತೆಗೆದ ಚಿತ್ರ ಕಳಿಸಿದಾಗ ಗೊತ್ತಾಯಿತು. ಅದರಲ್ಲಿ ಅಮ್ಮ ಮಕ್ಕಳ ಹೊಟ್ಟೆಯನ್ನು ನೋಡುತ್ತಿದ್ದಳು. ಕ್ಯಾಮೆರಾ ಟಿವಿಯ ತುದಿಯಲ್ಲಿ, ಮಕ್ಕಳ ಕಣ್ಣು ಅದಕ್ಕಿಂತ ಒಂದಡಿ ಕೆಳಗೆ, ಅಮ್ಮ ಕೂತದ್ದು ಒಂದೂವರೆ ಮೀಟರ್ ದೂರದಲ್ಲಿ. ಲೆಕ್ಕ ಹಾಕಿದರೆ ನೋಟ ಹತ್ತು ಡಿಗ್ರಿಗಿಂತ ಹೆಚ್ಚು ಕೆಳಗೆ ಬೀಳುತ್ತದೆ. ಫೋನಿನಲ್ಲಿ ಇದು ಯಾರಿಗೂ ಅಷ್ಟಾಗಿ ತಿಳಿಯುವುದಿಲ್ಲ, ಅಲ್ಲಿ ಕ್ಯಾಮೆರಾಗೂ ಮುಖಕ್ಕೂ ಎರಡು ಬೆರಳಿನ ಅಂತರ. ದೊಡ್ಡ ಟಿವಿ ಆ ಅಂತರವನ್ನೂ ದೊಡ್ಡದು ಮಾಡಿತ್ತು.

ಆಗ ನಾನು ಮಾಡಿದ ಕೆಲಸಕ್ಕೆ ಮನೆಯವರೆಲ್ಲ ನಕ್ಕರು. ಕಾಲ್ ವಿಂಡೋವನ್ನು ಚಿಕ್ಕದು ಮಾಡಿದೆ. ಅಳತೆ ಇಷ್ಟೇ: ಚಿನ್ನು ತನ್ನ ಜಾಗದಲ್ಲಿ ಕೂತಾಗ ಅವನ ಮುಖ ಟಿವಿಯ ಮೇಲೆ ನನ್ನ ಕೈಯ ಒಂದು ಗೇಣು ಇರಬೇಕು, ಅಂದರೆ ಹೆಚ್ಚುಕಡಿಮೆ ಮಗುವಿನ ಮುಖದ ನಿಜವಾದ ಅಳತೆ. ಎದ್ದು ಹೋಗಿ ಗಾಜಿನ ಮೇಲೆ ಗೇಣು ಹಾಕಿಯೇ ನೋಡಿದೆ. ಅಷ್ಟಕ್ಕೆ ವಿಂಡೋ ಟಿವಿಯ ಅರ್ಧಕ್ಕಿಂತ ತುಸು ಹೆಚ್ಚು ಅಗಲ ಬಂತು. ಅದನ್ನು ಮೇಲಂಚಿಗೆ, ಸರಿಯಾಗಿ ಕ್ಯಾಮೆರಾದ ಕೆಳಗೆ ತಳ್ಳಿದೆ. ಕುರ್ಚಿಯನ್ನು ಎರಡೂವರೆ ಮೀಟರಿಗೆ ಹಿಂದೆ ಸರಿಸಿದೆ. ದೂರ ಹೋದಷ್ಟೂ ಕೋನ ಕಿರಿದಾಗುತ್ತದೆ, ಶಬ್ದ ಹೇಗೂ ಪಕ್ಕದಲ್ಲೇ ಇದೆಯಲ್ಲ. ಹತ್ತು ದಾಟಿದ್ದದ್ದು ಮೂರು ನಾಲ್ಕು ಡಿಗ್ರಿಗೆ ಇಳಿಯಿತು. ಕ್ಯಾಮೆರಾವನ್ನು ಟಿವಿಯ ಕೆಳಗೂ ಇಟ್ಟು ನೋಡಿದ್ದೆ, ಬೇಡ. ಆಗ ನೋಟ ಮೇಲೆ ಹೋಗಿ, ಅಜ್ಜಿ ಸೂರು ನೋಡುತ್ತಿರುವ ಹಾಗೆ ಕಾಣುತ್ತದೆ. ನೋಟ ಕೊಂಚ ಕೆಳಗೆ ಬಿದ್ದರೆ ಕಣ್ಣು ಒಪ್ಪಿಕೊಳ್ಳುತ್ತದೆ.

ವೆಬ್‌ಕ್ಯಾಮಿನ ಕೊಕ್ಕೆ ಈ ತೆಳು ಟಿವಿಯ ಅಂಚಿಗೆ ಕೂರುವುದೇ ಇಲ್ಲ. ಅದನ್ನು ಅಲುಗದಂತೆ ಕೂರಿಸಿದ್ದು ಹೇಗೆ ಅಂತ ಕೇಳಬೇಡಿ, ಅದೊಂದು ನನ್ನ ಹತ್ತಿರವೇ ಇರಲಿ. ವಿಂಡೋ ಪ್ರತಿಸಲ ಅದೇ ಅಳತೆಗೆ ಅದೇ ಜಾಗಕ್ಕೆ ತಾನಾಗಿ ಬಂದು ನಿಲ್ಲುವ ಉಪಾಯವೂ ಅಷ್ಟೇ.

"55 ಇಂಚು ತಗೊಂಡು ಅರ್ಧ ಟಿವಿ ಕಪ್ಪಗೆ ಬಿಟ್ಟಿದೀಯಲ್ಲೋ" ಅಂದ ಅಣ್ಣ. "ಅರ್ಧ ದುಡ್ಡು ವಾಪಸ್ ಕೊಡ್ತಾರಾ?"

ಭಾನುವಾರ ಸಂಜೆ ಕಾಲ್ ಬಂತು. ಅಮ್ಮನ ಬೆನ್ನ ಹಿಂದಿನ ಕಿಟಕಿಗೆ ಪರದೆ ಎಳೆದು, ಟಿವಿಯ ಪಕ್ಕ ಒಂದು ದೀಪ ಹಾಕಿದ್ದೆ, ಇಲ್ಲದಿದ್ದರೆ ಆ ಕಡೆಗೆ ಅವಳು ಬರೀ ನೆರಳು. ಅಮ್ಮ ಎಂದಿನಂತೆ ಕುರ್ಚಿಯ ತುದಿಯಲ್ಲಿ ಕೂತಳು, ಏಳುವ ಸಿದ್ಧತೆಯಲ್ಲೇ. ಪುಟ್ಟಿ "ಅಜ್ಜೀ" ಅಂದಳು. ಸ್ಟೂಲಿನ ಮೇಲಿಂದ, ಪಕ್ಕದಲ್ಲೇ ಕೂತು ಕರೆದ ಹಾಗೆ. ಅಮ್ಮ ಒಂದು ಕ್ಷಣ ಸುಮ್ಮನಿದ್ದು, "ಬಾಯಿ ತೆಗಿ ನೋಡೋಣ" ಅಂದಳು.

ಪುಟ್ಟಿ ಬಾಯಿ ಬಿಗಿಮಾಡಿದಳು.

"ಮೇಲಿನ ಹಲ್ಲು ಯಾವಾಗ ಬಿತ್ತು?"

ಆ ಹಲ್ಲು ಬಿದ್ದು ಎಂಟು ದಿನವಾಗಿತ್ತಂತೆ. ಅದರ ನಡುವೆ ನಾವೆಲ್ಲ ಎರಡು ಸಲ ಗೋಡೆಯಗಲದ ಪುಟ್ಟಿಯನ್ನು ನೋಡಿದ್ದೆವು, ಯಾರಿಗೂ ಕಂಡಿರಲಿಲ್ಲ. ಅಮ್ಮ ನಿಧಾನಕ್ಕೆ ಹಿಂದಕ್ಕೆ ಒರಗಿ ಕಾಲು ಮೇಲೆತ್ತಿಕೊಂಡಳು. ನಾನು ಅಣ್ಣನ ಕಡೆ ನೋಡಿದೆ, ಅವನು ಗಡಿಯಾರ ನೋಡುತ್ತಿದ್ದ.

ಮುಕ್ಕಾಲು ಗಂಟೆ ಕಳೆದಿರಬೇಕು. ಚಿನ್ನು ಇದ್ದಕ್ಕಿದ್ದಂತೆ ಆಟ ನಿಲ್ಲಿಸಿ ಎಡಕ್ಕೆ ಸರಿದ. ಮತ್ತೆ ಬಲಕ್ಕೆ ಸರಿದ. ಸೋಫಾದ ಕೆಳಗೆ ಅಡಗಿ ಮೆಲ್ಲಗೆ ತಲೆ ಎತ್ತಿ ನೋಡಿದ.

"ಅಮ್ಮಾ, ಅಜ್ಜಿ ನನ್ನನ್ನೇ ನೋಡ್ತಿದಾಳೆ!"

"ನಿನ್ನನ್ನಲ್ಲ, ನನ್ನನ್ನ" ಅಂದಳು ಪುಟ್ಟಿ.

"ನನ್ನನ್ನ!"

ಕ್ಯಾಮೆರಾ ಕಡೆ ನೋಡುವ ಮುಖ ಆ ಕಡೆ ಯಾವ ಮೂಲೆಯಲ್ಲಿ ಕೂತವರಿಗೂ ತಮ್ಮನ್ನೇ ನೋಡಿದ ಹಾಗೆ ಕಾಣುತ್ತದೆ, ಗೋಡೆಯ ಮೇಲಿನ ಫೋಟೋದ ಕಣ್ಣಿನ ಹಾಗೆ. ಅದನ್ನು ಬಿಡಿಸಿ ಹೇಳಲು ಬಾಯಿ ತೆರೆದೆ. ಅಮ್ಮ ನನ್ನ ಮೊಣಕಾಲಿನ ಮೇಲೆ ಮೆಲ್ಲಗೆ ಏಟು ಕೊಟ್ಟಳು, ಕಣ್ಣು ಟಿವಿಯಿಂದ ತೆಗೆಯದೆ. ಜಗಳ ಇನ್ನೂ ಹತ್ತು ನಿಮಿಷ ನಡೆಯಿತು. ಇಬ್ಬರಲ್ಲಿ ಯಾರನ್ನು ನೋಡುತ್ತಿದ್ದೇನೆ ಅಂತ ಅವಳು ಹೇಳಲೇ ಇಲ್ಲ.