ಹನ್ನೊಂದು ಸೆಲ್‌ನಲ್ಲಿ ಒಂಬತ್ತು ಪಿಕ್ಸೆಲ್‌ನ ಓಟು: ಶಿರಸಿಯ ಅಡಿಕೆ ಯಂತ್ರಕ್ಕೆ ಸಣ್ಣ ಎಫ್‌ಪಿಜಿಎ ಸಾಕಾದದ್ದು

ಚಾಲಿ ಅಡಿಕೆಯಿಂದ ಕೋಕಾ ಮತ್ತು ಬಿಳೆಗೋಟು ಅನ್ನೋ ಕೆಳದರ್ಜೆಯವನ್ನು ಬೇರೆ ಮಾಡೋ ಯಂತ್ರ ನಮ್ಮ ಮನೆ ಅಟ್ಟದ ಕೆಳಗೆ ಈಗ ಎರಡನೇ ವರ್ಷ ಓಡುತ್ತಿದೆ. ನಾಲ್ಕು ದಾರಿ, ದಾರಿಗೊಂದು ಲೈನ್ ಸೆನ್ಸರ್, ದಾರಿಗೊಂದು ಗಾಳಿ ವಾಲ್ವ್. ಇದೆಲ್ಲವನ್ನೂ ನೋಡಿಕೊಳ್ಳೋದು 1280 ಲಾಜಿಕ್ ಸೆಲ್ ಇರೋ ಒಂದೇ ಒಂದು ಐಸ್40 ಎಚ್‌ಎಕ್ಸ್1ಕೆ ಚಿಪ್. ಇದು ಎಫ್‌ಪಿಜಿಎ, ಅಂದರೆ ಒಳಗಿನ ಲಾಜಿಕ್ ಅನ್ನು ನಾವೇ ಹೆಣೆದುಕೊಳ್ಳೋ ಚಿಪ್.

ಶುರುವಿನಲ್ಲಿ ಇದಾಗುತ್ತದೆ ಅಂತ ಯಾರೂ ನಂಬಲಿಲ್ಲ. ಬೆಂಗಳೂರಿನಲ್ಲಿ ಇದೇ ಕೆಲಸ ಮಾಡೋ ಗೆಳೆಯ, ಕನಿಷ್ಠ ಇಪ್ಪತ್ತು ಸಾವಿರ ಸೆಲ್‌ನ ಬೋರ್ಡ್ ತಗೋ ಅಂದ. ಅದಕ್ಕೆ ಹದಿನೆಂಟು ಸಾವಿರ ರೂಪಾಯಿ ಚಿಲ್ಲರೆ. ನನ್ನ ಹತ್ತಿರ ಇದ್ದದ್ದು ಮೂರು ಸಾವಿರದ ಹತ್ತಿರ ಕೊಟ್ಟು ಯಾವತ್ತೋ ತಗೊಂಡಿದ್ದ ಯುಎಸ್‌ಬಿ ಬೋರ್ಡ್. ಹೊಟ್ಟು ಒರೆಸಿಕೊಳ್ಳುತ್ತಾ ನೋಡುತ್ತಿದ್ದ ಭಾವ ಕೂಡ "ತಮಾ, ಇದು ಆಗ್ತಿಲ್ಯೋ" ಅಂದ. ಕಂಪ್ರೆಸರ್, ವಾಲ್ವ್, ತಗಡಿನ ಕೆಲಸ ಅಂತ ಆಗಲೇ ಮೂವತ್ತು ಸಾವಿರ ದಾಟಿತ್ತು. ಹಾಗಾಗಿ ಇರೋ ಚಿಪ್‌ನಲ್ಲೇ ಹೊಂದಿಸಬೇಕು ಅಂತ ಹಟ ಹಿಡಿದೆ.

ತೊಂದರೆ ಏನೆಂದರೆ ದೂಳು. ಸುಲಿದ ಅಡಿಕೆಯ ಮೇಲೆ ನಾರಿನ ಎಳೆ, ಹೊಟ್ಟಿನ ಚೂರು ಇದ್ದೇ ಇರುತ್ತದೆ. ಬರೀ ಕಪ್ಪು-ಬಿಳಿ ಮಿತಿ ಹಾಕಿ ನೋಡಿದರೆ ಪ್ರತಿ ಚೂರೂ ಕಲೆ ಅನ್ನಿಸಿಕೊಳ್ಳುತ್ತದೆ, ಒಳ್ಳೆ ಚಾಲಿ ಕೋಕಾದ ಡಬ್ಬಿಗೆ ಹಾರುತ್ತದೆ. ಮೊದಲ ದಿನ ಹತ್ತರಲ್ಲಿ ಮೂರು ಹಾಗೇ ಹಾರಿದವು. ಇದಕ್ಕೆ ಮದ್ದು ಗೊತ್ತಿದ್ದದ್ದೇ: ಮೂರು ಸಾಲು, ಮೂರು ಕಾಲಂ, ಒಟ್ಟು ಒಂಬತ್ತು ಪಿಕ್ಸೆಲ್ ತಗೊಂಡು ಓಟು ಹಾಕಿಸೋದು. ಐದು ಅಥವಾ ಹೆಚ್ಚು ಕಪ್ಪಿದ್ದರೆ ಕಪ್ಪು. ಒಂಟಿ ಚೂರು ತಾನಾಗಿ ಅಳಿಸಿಹೋಗುತ್ತದೆ.

ಇಪ್ಪತ್ತು ಸೆಂಟಿಮೀಟರ್ ಮೇಲಿಂದ ಬೀಳೋ ಅಡಿಕೆ ಸೆನ್ಸರ್ ಮುಂದೆ ಇರೋದು ಸುಮಾರು ಹದಿನೈದು ಮಿಲಿಸೆಕೆಂಡ್. ಅಷ್ಟರಲ್ಲಿ ಮೂವತ್ತು ಸಾಲು ಓದಬೇಕು, ಸಾಲಿಗೆ 512 ಪಿಕ್ಸೆಲ್. ಮೈಕ್ರೋಕಂಟ್ರೋಲರ್‌ನಲ್ಲಿ ಒಂದು ದಾರಿಗೆ ಹೇಗೋ ಆಯಿತು, ಎರಡನೇ ದಾರಿ ಸೇರಿಸಿದ ಕೂಡಲೇ ಸಾಲು ತಪ್ಪತೊಡಗಿತು. ಅದನ್ನು ಬಿಟ್ಟು ಎಫ್‌ಪಿಜಿಎಗೆ ಬಂದೆ.

ಮೊದಲ ಸಲ ಯೋಸಿಸ್ ಟೂಲ್‌ನಲ್ಲಿ ಸಿಂಥೆಸಿಸ್ ಮಾಡಿ, ಅಂದರೆ ಬರೆದ ಕೋಡನ್ನು ಸೆಲ್‌ಗಳಾಗಿ ಇಳಿಸಿ, ಅವನ್ನು ಚಿಪ್‌ನಲ್ಲಿ ಕೂರಿಸೋ `nextpnr-ice40` ಓಡಿಸಿದಾಗ `ICESTORM_LC` ಸಾಲಿನಲ್ಲಿ ಇರೋ ಸೆಲ್‌ಗಳ ನಾಲ್ಕು ಪಟ್ಟಿಗೂ ಮೀರಿ ತೋರಿಸಿತು. ಹುಡುಕಿದರೆ ತಪ್ಪು ಓಟಿನ ಲಾಜಿಕ್‌ನಲ್ಲಿ ಇರಲೇ ಇಲ್ಲ. ಹಿಂದಿನ ಎರಡು ಸಾಲು ನೆನಪಿಟ್ಟುಕೊಳ್ಳೋ ಜಾಗದಲ್ಲಿತ್ತು. ಎರಡು ಸಾಲು, ಸಾಲಿಗೆ 512 ಬಿಟ್, ನಾಲ್ಕು ದಾರಿ: ಒಂದೊಂದು ಬಿಟ್ ಹಿಡಿದಿಡೋ 4096 ಫ್ಲಿಪ್‌ಫ್ಲಾಪ್. ನಾನು ಅಭ್ಯಾಸಬಲದಿಂದ ಆ ಇಡೀ ಸಾಲಿಗೆ ರೀಸೆಟ್ ಬರೆದಿದ್ದೆ. ಚಿಪ್‌ನೊಳಗೆ ಮೆಮೊರಿಗೆಂದೇ ಇರೋ ಬ್ಲಾಕ್ ರ‍್ಯಾಮ್‌ನ ಎಲ್ಲ ಬಿಟ್‌ಗಳನ್ನು ಒಂದೇ ಏಟಿಗೆ ಸೊನ್ನೆ ಮಾಡೋಕೆ ಆಗೋದಿಲ್ಲ. ಅದಕ್ಕೇ ಯೋಸಿಸ್ ಎಲ್ಲವನ್ನೂ ಬಿಡಿ ಫ್ಲಿಪ್‌ಫ್ಲಾಪ್ ಮಾಡಿಬಿಟ್ಟಿತು. ದೊಡ್ಡ ಚಿಪ್‌ಗಳಲ್ಲಿ ಸೆಲ್‌ನೊಳಗೆ ಲಾಜಿಕ್ ಮಾಡೋ ಲಟ್‌ಗಳಲ್ಲಿ ಕೆಲವನ್ನೇ ಪುಟ್ಟ ರ‍್ಯಾಮ್ ಥರ ಬಳಸಬಹುದು. ಐಸ್40ರಲ್ಲಿ ಆ ಅನುಕೂಲ ಇಲ್ಲ.

ರೀಸೆಟ್ ತೆಗೆದೆ, ಓದೋದನ್ನೂ ಕ್ಲಾಕ್‌ಗೆ ಕಟ್ಟಿದೆ, ಆಗ ಸಾಲುಗಳು ಬ್ಲಾಕ್ ರ‍್ಯಾಮ್‌ಗೆ ಹೋದವು. ಇನ್ನೊಂದು ಉಪಾಯವನ್ನೂ ಮಾಡಿದೆ. ಎರಡು ಸಾಲಿಗೆ ಎರಡು ಬ್ಲಾಕ್ ಇಡಲಿಲ್ಲ. ಎರಡು ಬಿಟ್ ಅಗಲದ ಒಂದೇ ಮೆಮೊರಿ ಇಟ್ಟೆ. ಒಂದು ಜಾಗದಿಂದ ಓದಿದಾಗ ಹಿಂದಿನ ಸಾಲಿನ ಬಿಟ್ ಮತ್ತು ಅದರ ಹಿಂದಿನದ್ದು ಒಟ್ಟಿಗೆ ಸಿಗುತ್ತವೆ. ಮುಂದಿನ ಹೆಜ್ಜೆಯಲ್ಲಿ ಅದೇ ಜಾಗಕ್ಕೆ ಹಿಂದಿನದ್ದನ್ನೂ ಹೊಸದನ್ನೂ ಬರೆಯೋದು. ಓದೋ ಬಾಗಿಲು ಒಂದು, ಬರೆಯೋ ಬಾಗಿಲು ಒಂದು ಬೇರೆ ಬೇರೆ ಇರೋದರಿಂದ ಜಗಳ ಇಲ್ಲ. ಬೇಕಾದದ್ದು 1 ಕಿಲೊಬಿಟ್, ಬ್ಲಾಕ್ ಇರೋದು 4 ಕಿಲೊಬಿಟ್. ದಾರಿಗೆ ಒಂದರಂತೆ ಹದಿನಾರರಲ್ಲಿ ನಾಲ್ಕೇ ಬ್ಲಾಕ್ ಹೋಯಿತು.

ಈಗ ಓಟಿನ ವಿಷಯ. ನನ್ನ ಪ್ರಕಾರ ಯಂತ್ರದಲ್ಲಿ ಬಲು ಚಂದದ ಭಾಗ ಇದೇ.

ಮೊದಲು ಸುಮ್ನೆ ಒಂಬತ್ತು ಬಿಟ್ ಕೂಡಿಸಿ `>= 5` ಅಂತ ಬರೆದಿದ್ದೆ. ಅದಕ್ಕೆ ದಾರಿಯೊಂದಕ್ಕೆ ಮೂವತ್ತರ ಆಸುಪಾಸು ಸೆಲ್ ಹಿಡಿಯಿತು, ಕ್ಯಾರಿ ಸರಪಳಿ ಸೇರಿ. ಒಂದು ರಾತ್ರಿ ಕಾಗದ ಹಿಡಿದು ಕೂತೆ. ಪ್ರತಿ ಸೆಲ್‌ನಲ್ಲಿ ಒಂದು ಲಟ್, ಒಂದು ಫ್ಲಿಪ್‌ಫ್ಲಾಪ್ ಇರುತ್ತವೆ. ಲಟ್ ಅಂದರೆ ಹದಿನಾರು ಬಿಟ್‌ನ ಒಂದು ಪಟ್ಟಿ ಅಷ್ಟೇ. ನಾಲ್ಕು ಇನ್‌ಪುಟ್ ಸೇರಿ ಆ ಪಟ್ಟಿಯ ಯಾವ ಮನೆ ಅಂತ ಹೇಳುತ್ತವೆ, ಆ ಮನೆಯಲ್ಲಿರೋ ಬಿಟ್ ಹೊರಗೆ ಬರುತ್ತದೆ. ನಾಲ್ಕು ಇನ್‌ಪುಟ್ ಮೀರದಿದ್ದರೆ ಲಾಜಿಕ್ ಎಷ್ಟೇ ಸಿಕ್ಕುಸಿಕ್ಕಾಗಿದ್ದರೂ ಬೆಲೆ ಒಂದೇ ಲಟ್. ಹಾಗಾದರೆ ಒಂಬತ್ತು ಬಿಟ್‌ನ ಓಟನ್ನು ಕೊನೆಯಲ್ಲಿ ನಾಲ್ಕು ತಂತಿಗೆ ಇಳಿಸಬೇಕು.

ಮೂರು ಬಿಟ್ ಕೂಡಿದರೆ ಎರಡು ಬಿಟ್‌ನ ಉತ್ತರ: ಒಂದರ ತೂಕದ್ದು, ಎರಡರ ತೂಕದ್ದು. ಒಂದೊಂದಕ್ಕೂ ಒಂದು ಲಟ್. ಒಂದು ಕಾಲಂನ ಮೂರು ಪಿಕ್ಸೆಲ್‌ಗೆ, ಅಂದರೆ ಕೆಳಗಿನ ಕೋಡ್‌ನ `a`, `b`, `d`ಗೆ, ಇದನ್ನು ಮಾಡಿ. ಪಿಕ್ಸೆಲ್‌ಗಳು ಒಂದರ ಹಿಂದೆ ಒಂದು ಬರುತ್ತಾ ಇರುತ್ತವೆ, ಅಲ್ವಾ? ಹಾಗಾಗಿ ಪಕ್ಕದ ಕಾಲಂನ ಮೊತ್ತ ಮತ್ತೆ ಕೂಡೋ ಅಗತ್ಯವೇ ಇಲ್ಲ. ಈಗಾಗಲೇ ಮಾಡಿದ್ದನ್ನು ಒಂದು, ಎರಡು ಹೆಜ್ಜೆ ಹಿಂದೆ ಇಟ್ಟುಕೊಂಡರೆ ಆಯಿತು. ಆಮೇಲೆ ಮೂರು ಕಾಲಂಗಳ ಒಂದರ ತೂಕದ ಬಿಟ್‌ಗಳನ್ನು ಒಮ್ಮೆ ಕೂಡಿ, ಎರಡರ ತೂಕದವನ್ನು ಇನ್ನೊಮ್ಮೆ ಕೂಡಿ. ಉಳಿಯೋದು ನಾಲ್ಕೇ ತಂತಿ: `s` ಒಂದರದ್ದು, `c` ಮತ್ತು `t` ಎರಡರದ್ದು, `u` ನಾಲ್ಕರದ್ದು.

```verilog
always @(posedge clk) if (ce) begin
  s0 <= a ^ b ^ d;
  c0 <= (a & b) | (b & d) | (a & d);
  s1 <= s0;  s2 <= s1;
  c1 <= c0;  c2 <= c1;
end
wire s = s0 ^ s1 ^ s2;
wire c = (s0 & s1) | (s1 & s2) | (s0 & s2);
wire t = c0 ^ c1 ^ c2;
wire u = (c0 & c1) | (c1 & c2) | (c0 & c2);
SB_LUT4 #(.LUT_INIT(16'hFE80)) vote
  (.I0(s), .I1(c), .I2(t), .I3(u), .O(y));
```

ಕೊನೆಯ `FE80` ಹೇಗೆ ಬಂತು ಅಂತ ಕೈಯಲ್ಲಿ ಲೆಕ್ಕ ಹಾಕಿ ನೋಡಿ. ಒಟ್ಟು ಓಟು `s + 2c + 2t + 4u`. `u` ಸೊನ್ನೆಯಾದರೆ ಐದು ಆಗಬೇಕಾದರೆ ಉಳಿದ ಮೂರೂ 1 ಆಗಿರಬೇಕು. ಅಂದರೆ ಸೊನ್ನೆಯಿಂದ ಎಣಿಸೋ ಪಟ್ಟಿಯ ಮೊದಲ ಎಂಟು ಮನೆಯಲ್ಲಿ ಏಳನೇ ನಂಬರಿನದು ಮಾತ್ರ 1. ಅದು `80`. `u` ಒಂದಾದರೆ ನಾಲ್ಕು ಓಟು ಆಗಲೇ ಕೈಯಲ್ಲಿದೆ, ಉಳಿದ ಮೂರರಲ್ಲಿ ಯಾವುದಾದರೂ ಒಂದು ಸಾಕು. ಎಂಟನೇ ನಂಬರಿನ ಮನೆ ಬಿಟ್ಟು ಮುಂದಿನ ಎಲ್ಲವೂ 1. ಅದು `FE`.

ಕಾಲಂಗೆ ಎರಡು ಲಟ್, ನಡುವೆ ನಾಲ್ಕು, ಕೊನೆಗೆ ಒಂದು. ಒಟ್ಟು ಏಳು. ಆದರೆ ಸೆಲ್ ಎಣಿಸಿದರೆ ಹನ್ನೊಂದು. ಯಾಕೆಂದರೆ ಐಸ್40ರಲ್ಲಿ ಫ್ಲಿಪ್‌ಫ್ಲಾಪ್‌ಗೆ ಒಳದಾರಿ ಅದೇ ಸೆಲ್‌ನ ಲಟ್ ಮೂಲಕವೇ. `s0`, `c0` ತಮ್ಮ ಲಟ್‌ನ ಜೊತೆ ಒಂದೇ ಸೆಲ್‌ನಲ್ಲಿ ಕೂರುತ್ತವೆ. ಸುಮ್ನೆ ತಡಮಾಡೋಕೆ ಇಟ್ಟ `s1`, `s2`, `c1`, `c2` ನಾಲ್ಕಕ್ಕೂ ಒಂದೊಂದು ಪೂರ್ತಿ ಸೆಲ್ ಹೋಗುತ್ತದೆ, ಅವುಗಳ ಲಟ್ ತಂತಿಯ ಹಾಗೆ ಇರುತ್ತದೆ. ಇದನ್ನು ಉಳಿಸೋ ಒಂದು ದಾರಿ ಸಿಕ್ಕಿದೆ, ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಂಡಿರುತ್ತೇನೆ.

ನಾಲ್ಕು ದಾರಿಗೆ 44 ಸೆಲ್. ಗೆಳೆಯನಿಗೆ ಫೋನ್ ಮಾಡಿ ಹೇಳಿದಾಗ ಎರಡು ಸಲ ಕೇಳಿ ಖಚಿತ ಮಾಡಿಕೊಂಡ.

ಇಷ್ಟಾದರೂ ಒಂದು ವಾರ ಚಿಪ್‌ನಲ್ಲಿ ಕೂರಲಿಲ್ಲ. ಎಲ್ಲ ಸೇರಿ ಲೆಕ್ಕದಲ್ಲಿ ಸಾವಿರದ ಹತ್ತಿರ ಸೆಲ್, ಜಾಗ 1280. ಆದರೂ ಪ್ಲೇಸ್‌ಮೆಂಟ್ ಆಗುತ್ತಿಲ್ಲ. ಈ ಚಿಪ್‌ನಲ್ಲಿ ಸೆಲ್‌ಗಳು ಎಂಟೆಂಟರ ಗುಂಪಿನಲ್ಲಿ ಇರುತ್ತವೆ, ಒಟ್ಟು 160 ಗುಂಪು. ಒಂದು ಗುಂಪಿನ ಎಂಟೂ ಫ್ಲಿಪ್‌ಫ್ಲಾಪ್‌ಗೆ ಕ್ಲಾಕ್ ಒಂದೇ, ಯಾವಾಗ ಹೊಸ ಬಿಟ್ ತಗೋಬೇಕು ಅಂತ ಹೇಳೋ ಎನೇಬಲ್ ಒಂದೇ, ರೀಸೆಟ್ ಒಂದೇ. ನಾನು ಪ್ರತಿ ದಾರಿಗೂ, ಪ್ರತಿ ಕೌಂಟರ್‌ಗೂ ಬೇರೆ ಬೇರೆ ಎನೇಬಲ್ ಕೊಟ್ಟಿದ್ದೆ. ಎರಡು ಬಿಟ್‌ನ ಒಂದು ಸ್ಟೇಟ್ ಒಂದು ಇಡೀ ಗುಂಪಿನ ಎನೇಬಲ್ ತಂತಿ ಹಿಡಿದುಕೊಂಡು ಕೂರುತ್ತಿತ್ತು, ಬೇರೆ ಎನೇಬಲ್‌ನ ಫ್ಲಿಪ್‌ಫ್ಲಾಪ್‌ಗೆ ಅಲ್ಲಿ ಪ್ರವೇಶ ಇಲ್ಲ. ಊಟಕ್ಕೆ ಎಂಟು ಜನ ಕೂರೋ ಪಂಕ್ತಿಯಲ್ಲಿ ಇಬ್ಬರೇ ಕೂತ ಹಾಗೆ.

ನಾಲ್ಕೂ ಸೆನ್ಸರ್‌ಗೆ ಒಂದೇ ಪಿಕ್ಸೆಲ್ ಕ್ಲಾಕ್ ಕೊಟ್ಟು, ಒಂದೇ `ce` ಮಾಡಿದೆ. ಸಣ್ಣ ಸ್ಟೇಟ್‌ಗಳ ಎನೇಬಲ್ ತೆಗೆದು ಆ ಷರತ್ತನ್ನು ಲಾಜಿಕ್ ಒಳಗೇ ಸೇರಿಸಿದೆ. ನಾಲ್ಕನೇ ಇನ್‌ಪುಟ್ ಖಾಲಿ ಇದ್ದ ಲಟ್‌ಗಳಲ್ಲಿ ಅದಕ್ಕೆ ಖರ್ಚೇ ಆಗಲಿಲ್ಲ. ಬೇಡದ ರೀಸೆಟ್‌ಗಳನ್ನೂ ಕಿತ್ತೆ. ಈಗ ಒಟ್ಟು 640ರ ಹತ್ತಿರ, ಅರ್ಧ ಚಿಪ್ ಖಾಲಿ.

ನಡುವೆ ಒಂದು ಬೇರೆ ಪ್ರಯೋಗ ಮಾಡಿದೆ. ಕೊನೆಯ ಲಟ್‌ನ ಪಟ್ಟಿ ಬದಲಿಸಿದರೆ ಓಟಿನ ನಿಯಮವೇ ಬದಲಾಗುತ್ತದೆ, ಉಳಿದ ಹತ್ತು ಸೆಲ್ ಮುಟ್ಟೋದೇ ಬೇಡ. ನಾಲ್ಕು ಓಟು ಸಾಕು ಅಂದರೆ `FFC0`, ಆರು ಬೇಕು ಅಂದರೆ `FC00`, ಒಂದಾದರೂ ಇದ್ದರೆ ಕಪ್ಪು ಅನ್ನೋದಾದರೆ `FFFE`, ಒಂಬತ್ತೂ ಬೇಕಾದರೆ `8000`. ಮಳೆಗಾಲದ ಹಸಿ ಗಾಳಿಗೆ ದೂಳು ಅಂಟಿಕೊಂಡಾಗ ಆರು ಓಟು ಚೆನ್ನಾಗಿ ಕೆಲಸ ಮಾಡಿತು.

ಪ್ರತಿ ಸಲ ಮತ್ತೆ ಸಿಂಥೆಸಿಸ್ ಯಾಕೆ ಅಂತ, ಟೂಲ್ ಕೊನೆಗೆ ಕೊಡೋ `.asc` ಫೈಲ್‌ನಲ್ಲೇ ಆ ಹದಿನಾರು ಬಿಟ್ ಹುಡುಕಿ ತಿದ್ದಲು ಹೋದೆ. `FFFE`, `8000` ಸರಿಯಾಗಿ ಬಂದವು. `FFC0` ಹಾಕಿದರೆ ಉತ್ತರ ತಪ್ಪು. ಅರ್ಧ ದಿನ ಹೋದ ಮೇಲೆ ಹೊಳೆಯಿತು. ತಂತಿ ಎಳೆಯೋಕೆ ಸುಲಭ ಆಗಲೆಂದು ಟೂಲ್ ಲಟ್‌ನ ಇನ್‌ಪುಟ್‌ಗಳನ್ನು ಅದಲು ಬದಲು ಮಾಡಿ, ಅದಕ್ಕೆ ತಕ್ಕ ಹಾಗೆ ಪಟ್ಟಿಯನ್ನೂ ಕಲಸಿರುತ್ತದೆ. `FFFE` ಮತ್ತು `8000`ಕ್ಕೆ ಯಾವ ತಂತಿ ಎಲ್ಲಿದ್ದರೂ ಒಂದೇ. `FFC0`ಗೆ ಮಾತ್ರ `u` ಯಾವುದು, `s` ಯಾವುದು ಅಂತ ಗೊತ್ತಿರಬೇಕು. ಈಗ ಮೂಲ ಫೈಲ್‌ನಲ್ಲೇ ಬದಲಿಸುತ್ತೇನೆ, ಪೂರ್ತಿ ಓಡಿಸಿದರೂ ಹಳೇ ಲ್ಯಾಪ್‌ಟಾಪ್‌ನಲ್ಲಿ ಅರ್ಧ ನಿಮಿಷ ಸಾಕು.

ಕೊನೆಯ ಕಾಟ ಕೊಟ್ಟದ್ದು ವಾಲ್ವ್. ಅಡಿಕೆ ಇಲ್ಲದಾಗಲೂ ಆಗಾಗ ಟಕ್ ಅನ್ನುತ್ತಿತ್ತು. `y` ತಂತಿಯನ್ನು ನೇರವಾಗಿ ವಾಲ್ವ್ ಲ್ಯಾಚ್‌ನ ಸೆಟ್‌ಗೆ ಕೊಟ್ಟಿದ್ದೆ. ಸ್ಕೋಪ್ ಹಿಡಿದರೆ ಕೆಲವೇ ನ್ಯಾನೋಸೆಕೆಂಡ್‌ನ ಮುಳ್ಳುಗಳು ಕಂಡವು. `s`, `c`, `t`, `u` ನಾಲ್ಕೂ ಬೇರೆ ಬೇರೆ ಉದ್ದದ ತಂತಿಯಲ್ಲಿ ಬರುತ್ತವೆ. ಒಂದು ಮೊದಲು ಬದಲಾಗಿ ಇನ್ನೊಂದು ತಡವಾದರೆ, ನಡುವೆ ಒಂದು ಕ್ಷಣ ಲಟ್ ತಪ್ಪು ಮನೆಯ ಬಿಟ್ ತೋರಿಸುತ್ತದೆ. ಲ್ಯಾಚ್‌ಗೆ ಅಷ್ಟೇ ಸಾಕು. ಲ್ಯಾಚ್ ತೆಗೆದು `y` ಅನ್ನು ಅದೇ ಸೆಲ್‌ನ ಫ್ಲಿಪ್‌ಫ್ಲಾಪ್‌ಗೆ ಹಾಕಿದೆ. ಒಂದು ಸೆಲ್ ಕೂಡ ಜಾಸ್ತಿ ಆಗಲಿಲ್ಲ, ಟಕ್ ಅನ್ನೋದು ಅವತ್ತೇ ನಿಂತಿತು.

ಈಗ ಒಳ್ಳೆ ಚಾಲಿ ತಪ್ಪಿ ಹಾರೋದು ನೂರಕ್ಕೆ ಒಂದೆರಡು. ಬೆಳಕು ಯಾವ ಕೋನದಲ್ಲಿ ಇಟ್ಟೆ, ಬಿಳೆಗೋಟಿಗೆ ಮಿತಿ ಎಷ್ಟು ಅನ್ನೋದನ್ನು ಇಲ್ಲಿ ಬರೆಯೋದಿಲ್ಲ, ಅದು ಎರಡು ಸುಗ್ಗಿಯ ದುಡಿಮೆ. ಈ ಸಲ ಭಾವ ತನ್ನ ಮನೆಯ ಹನ್ನೆರಡು ಚೀಲವನ್ನೂ ಇಲ್ಲೇ ತಂದು ಸುರಿದ. ಖಾಲಿ ಇರೋ ಅರ್ಧ ಚಿಪ್‌ನಲ್ಲಿ ಇನ್ನೆರಡು ದಾರಿ ಕೂರಿಸುತ್ತಿದ್ದೇನೆ, ವಾಲ್ವ್ ಬರೋದು ಬಾಕಿ.